ಹೋಟೆಲ್ ಕೋಣೆಯ ಚೆಕ್‌ಲಿಸ್ಟ್: ಎರಡು ಭಾಷೆಯಲ್ಲಿ ಒಂದೇ ಕೆಲಸ

ಬೆಂಗಳೂರಿನ ಮಧ್ಯಮ ಗಾತ್ರದ ಹೋಟೆಲೊಂದರ ಹೌಸ್‌ಕೀಪಿಂಗ್ ಕೋಣೆಗೆ ಬೆಳಿಗ್ಗೆ ಹೋದರೆ ನಾಲ್ಕೈದು ಭಾಷೆ ಕಿವಿಗೆ ಬೀಳುತ್ತವೆ. ರಾಯಚೂರು, ಕಲಬುರಗಿ ಕಡೆಯಿಂದ ಬಂದ ಹೆಂಗಸರು ಒಂದು ಕಡೆ, ಒಡಿಶಾ, ಅಸ್ಸಾಂ, ಜಾರ್ಖಂಡ್, ನೇಪಾಳದಿಂದ ಬಂದ ಹುಡುಗರು ಇನ್ನೊಂದು ಕಡೆ. ಇವರೆಲ್ಲರಿಗೂ ಟ್ರಾಲಿಯಲ್ಲಿ ಸಿಗುವ ಚೆಕ್‌ಲಿಸ್ಟ್ ಬಹಳ ಸಲ ಇಂಗ್ಲಿಷಿನದು. ಅದನ್ನು ಕನ್ನಡ, ಹಿಂದಿಗೆ ಅನುವಾದ ಮಾಡಿಸಿದ ಹೋಟೆಲುಗಳೂ ಇವೆ. ಆದರೂ ಅಲ್ಲಿ ಒಬ್ಬರು ಮಾಡಿದ ಕೋಣೆ ಒಂದು ಥರ, ಇನ್ನೊಬ್ಬರದು ಇನ್ನೊಂದು ಥರ. ತಪ್ಪು ಅನುವಾದದ್ದಲ್ಲ. ಅನುವಾದಕ್ಕೆ ಕೊಟ್ಟ ಸಾಲೇ ಸರಿಯಿಲ್ಲ.

‘ಬಾತ್‌ರೂಮ್ ಸ್ವಚ್ಛಗೊಳಿಸಿ’ ಎಂಬ ಸಾಲನ್ನೇ ನೋಡಿ. ಹಿಂದಿಯಲ್ಲಿ ‘ಬಾಥ್‌ರೂಮ್ ಸಾಫ್ ಕರೇಂ’. ಅನುವಾದದಲ್ಲಿ ಕುಂದಿಲ್ಲ. ಓದಿದ ಒಬ್ಬರು ಎರಡು ಬಕೆಟ್ ನೀರು ಸುರಿದು, ವೈಪರ್‌ನಿಂದ ಎಳೆದು, ನೆಲ ಒದ್ದೆಯಿರುವಾಗಲೇ ಬಾಗಿಲು ಹಾಕುತ್ತಾರೆ. ಇನ್ನೊಬ್ಬರು ನೀರು ಮುಟ್ಟದೆ ಎಲ್ಲವನ್ನೂ ಬಟ್ಟೆಯಲ್ಲಿ ಒರೆಸುತ್ತಾರೆ. ಮತ್ತೊಬ್ಬರು ಕಮೋಡ್ ಒರೆಸಿದ ಬಟ್ಟೆಯಲ್ಲೇ ವಾಶ್‌ಬೇಸಿನ್ನನ್ನೂ ಒರೆಸುತ್ತಾರೆ. ಮೂವರೂ ಟಿಕ್ ಹಾಕುತ್ತಾರೆ, ಮೂವರೂ ಪ್ರಾಮಾಣಿಕರೇ. ತಮ್ಮ ಊರಿನಲ್ಲಿ, ಹಿಂದಿನ ಕೆಲಸದಲ್ಲಿ ಕಲಿತ ‘ಸ್ವಚ್ಛ’ವನ್ನು ಅವರು ಮಾಡಿದ್ದಾರೆ.

ಹಾಗಾಗಿ ಭಾಷೆ ಬದಲಿಸುವ ಮೊದಲು ಆ ಸಾಲನ್ನು ಒಡೆಯಬೇಕು. ಏನನ್ನು, ಯಾವುದರಿಂದ, ಏನು ಮಾಡಬೇಕು, ಮುಗಿದಾಗ ಹೇಗೆ ಕಾಣಬೇಕು ಎನ್ನುವುದು ಒಂದೇ ಉಸಿರಿನಲ್ಲಿ ಬರುವಷ್ಟು ಚಿಕ್ಕದಾಗಬೇಕು. ಕೋಣೆಯಲ್ಲಿ ಕೆಲಸ ನಡೆಯುವ ಕ್ರಮದಲ್ಲೇ ಸಾಲುಗಳೂ ಇರಬೇಕು. ಅನುಭವಸ್ಥರು ಬಾತ್‌ರೂಮಿಗೆ ಕಾಲಿಟ್ಟೊಡನೆ ಮಾಡುವ ಮೊದಲ ಕೆಲಸ ಫ್ಲಶ್ ಮಾಡಿ, ಕಮೋಡ್‌ಗೆ ಕ್ಲೀನರ್ ಹಾಕುವುದು. ಕಲೆ ಬಿಡಲು ಅದಕ್ಕೆ ಹೊತ್ತು ಬೇಕು. ಎಷ್ಟು ಹೊತ್ತು ಎಂಬುದು ಬಾಟಲಿಯ ಲೇಬಲ್ ಮೇಲೆ ಇರುತ್ತದೆ. 10 ನಿಮಿಷ ಎಂದಿದ್ದರೆ ಬರೀ ‘10 ನಿಮಿಷ ಬಿಡಿ’ ಎಂದು ಬರೆದರೆ ಸಾಲದು, ಏಕೆಂದರೆ ಗಡಿಯಾರ ನೋಡುವವರು ಯಾರೂ ಇಲ್ಲ. ‘ಕಮೋಡ್ ಒಳಗೆ, ಅಂಚಿನ ಕೆಳಗೆ ಕ್ಲೀನರ್ ಹಾಕಿ. ಕನ್ನಡಿ, ಬೇಸಿನ್, ಗೋಡೆ ಮುಗಿದ ಮೇಲೆ ಉಜ್ಜಿ’ ಎಂದು ಬರೆದರೆ ಆ ಹತ್ತು ನಿಮಿಷ ಕೆಲಸದಲ್ಲೇ ಕಳೆಯುತ್ತದೆ. ಹಿಂದಿ ಸಾಲು ‘ಶೀಶಾ, ಬೇಸಿನ್, ದೀವಾರ್ ಕೇ ಬಾದ್ ಬ್ರಶ್ ಸೇ ರಗಡೇಂ’ ಎಂದಾಗುತ್ತದೆ. ಸಾಹಿತ್ಯದ ಹಿಂದಿ ಇಲ್ಲಿ ಬೇಡ. ಗ್ರಾಂಥಿಕ ಕನ್ನಡವೂ ಬೇಡ. ‘ಶೌಚಪಾತ್ರೆ’ ಎಂದು ಬರೆದರೆ ರಾಯಚೂರಿನವರಿಗೂ ಕಷ್ಟ. ಕಮೋಡ್, ಬೇಸಿನ್, ಟವೆಲ್, ಬೆಡ್‌ಶೀಟ್ ಎರಡೂ ಸಾಲಿನಲ್ಲಿ ಹಾಗೇ ಇರಲಿ.

ಕನ್ನಡದೊಳಗೂ ಊರಿಂದೂರಿಗೆ ಮಾತು ಬೇರೆ. ಮೈಸೂರಿನವರ ಪೊರಕೆ ಉತ್ತರ ಕರ್ನಾಟಕದಲ್ಲಿ ಕಸಬರಿಗೆ, ಮಂಗಳೂರು ಕಡೆ ಹಿಡಿಸೂಡಿ. ಇಂಥ ವಸ್ತುಗಳಿಗೆ ಪದ ಆರಿಸುವ ಬದಲು ಚೆಕ್‌ಲಿಸ್ಟಿನಲ್ಲೇ ಚಿಕ್ಕ ಫೋಟೋ ಹಾಕುವುದು ಒಳ್ಳೆಯದು, ಅದೂ ಆ ಹೋಟೆಲಿನ ಟ್ರಾಲಿಯಲ್ಲಿ ಇರುವ ಪೊರಕೆಯದೇ ಫೋಟೋ.

ಕ್ರಿಯಾಪದಗಳಿಗೆ ಫೋಟೋ ಸಾಕಾಗುವುದಿಲ್ಲ. ‘ಒರೆಸಿ’ ಎಂದರೆ ಒದ್ದೆ ಬಟ್ಟೆಯಲ್ಲೋ ಒಣ ಬಟ್ಟೆಯಲ್ಲೋ? ಹಿಂದಿಯ ‘ಪೋಂಛೇಂ’ ಕೂಡ ಅದನ್ನು ಹೇಳುವುದಿಲ್ಲ. ಕನ್ನಡಿಯ ಮೇಲೆ ಒದ್ದೆ ಬಟ್ಟೆ ಆಡಿಸಿ ಬಿಟ್ಟರೆ ಒಣಗಿದ ಮೇಲೆ ಗೆರೆ ಮೂಡುತ್ತದೆ, ಅತಿಥಿಯ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ‘ಒಣ ಬಟ್ಟೆಯಿಂದ ಒರೆಸಿ, ಪಕ್ಕದಿಂದ ನೋಡಿದಾಗ ಗೆರೆ ಕಾಣಬಾರದು’ ಎಂದು ಬರೆದರೆ ಮಾಡುವವರಿಗೂ ಗೊತ್ತು, ನೋಡಲು ಬರುವ ಸೂಪರ್‌ವೈಸರ್‌ಗೂ ಗೊತ್ತು. ಇಬ್ಬರ ಅಳತೆ ಒಂದೇ ಆದಾಗ ವಾದ ಕಡಿಮೆಯಾಗುತ್ತದೆ.

ಬಟ್ಟೆಗಳಿಗೆ ಬಣ್ಣ ಗೊತ್ತುಮಾಡುವುದು ಹೌಸ್‌ಕೀಪಿಂಗ್‌ನಲ್ಲಿ ಹಳೆಯ ಪದ್ಧತಿ. ಕಮೋಡ್‌ಗೆ ಕೆಂಪು, ಬೇಸಿನ್‌ಗೆ ಹಳದಿ, ಕನ್ನಡಿಗೆ ನೀಲಿ ಎಂದು ಹೋಟೆಲ್ ನಿಶ್ಚಯಿಸಿದೆ ಎನ್ನಿ. ಹಿಂದಿಯಲ್ಲಿ ಹಳದಿ ‘ಪೀಲಾ’, ನೀಲಿ ‘ನೀಲಾ’. ಕಾರಿಡಾರಿನ ಆಚೆಯಿಂದ ಕೂಗಿದರೆ ಎರಡೂ ಒಂದೇ ಥರ ಕೇಳಿಸುತ್ತವೆ. ಇದಕ್ಕೆ ಒಳ್ಳೆಯ ಪರಿಹಾರ ಆಯಾ ಬಟ್ಟೆಯಿಂದಲೇ ಎರಡು ಬೆರಳಗಲದ ತುಂಡು ಕತ್ತರಿಸಿ, ಆ ಸಾಲಿನ ಮುಂದೆ ಅಂಟಿಸಿ ಲ್ಯಾಮಿನೇಟ್ ಮಾಡಿಸುವುದು.

ಅಳತೆಯ ಸಾಲುಗಳಲ್ಲಿ ‘ಸ್ವಲ್ಪ’, ‘ಥೋಡಾ’, ‘ಒಂದು ಮುಚ್ಚಳ’ ಯಾವುದೂ ಇರಬಾರದು. ಮುಚ್ಚಳದ ಗಾತ್ರ ಕಂಪನಿಗೊಂದು ಥರ. ಲೀಟರಿಗೆ 20 ಮಿಲಿಲೀಟರ್ ಎಂದು ಲೇಬಲ್ ಹೇಳಿದರೆ 500 ಮಿಲಿಲೀಟರ್ ಸ್ಪ್ರೇ ಬಾಟಲಿಗೆ 10 ಮಿಲಿಲೀಟರ್ ಬೇಕು. ಲೆಕ್ಕವನ್ನು ಹೊಸಬರ ತಲೆಗೆ ಬಿಡದೆ ‘ಗೆರೆಯವರೆಗೆ ನೀರು, ಆಮೇಲೆ 10 ಮಿಲಿ ಕ್ಲೀನರ್’ ಎಂದು ಬರೆದು, ಬಾಟಲಿಯ ಮೇಲೂ ಗೆರೆ ಎಳೆಯಬೇಕು. ನೀರು ಮೊದಲು ಹಾಕಿದರೆ ನೊರೆ ಉಕ್ಕುವುದಿಲ್ಲ. ಅಂಕಿಗಳು 1, 2, 3 ಆಗಿಯೇ ಇರಲಿ. ದೇವನಾಗರಿಯ ಒಂದು, ಗೊತ್ತಿಲ್ಲದ ಕಣ್ಣಿಗೆ 9ರಂತೆ ಕಾಣುತ್ತದೆ. ಕನ್ನಡದ ಆರು, ಒಂಬತ್ತು ಹೊರಗಿನವರಿಗೆ ಒಂದೇ ಥರ ಕಾಣುತ್ತವೆ.

ದಿನಗಳ ವಿಷಯದಲ್ಲಿ ಹಿಂದಿಯ ‘ಕಲ್’ ದೊಡ್ಡ ತೊಡಕು. ನಿನ್ನೆಯೂ ಅದೇ, ನಾಳೆಯೂ ಅದೇ. ಉಳಿದುಕೊಂಡ ಅತಿಥಿಯ ಕೋಣೆಯಲ್ಲಿ ‘ಬೆಡ್‌ಶೀಟ್ ಕಲ್’ ಎಂದು ಗೀಚಿಟ್ಟರೆ ಬದಲಿಸಿದ್ದೋ ಬದಲಿಸಬೇಕಾದ್ದೋ ಯಾರಿಗೂ ತಿಳಿಯದು. ಅಲ್ಲಿ ತಾರೀಖಿನ ಖಾನೆ ಬಿಟ್ಟು ಬೇರೇನೂ ಇರಬಾರದು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಬೇಡ’ ಎನ್ನುವ ಸಾಲುಗಳಲ್ಲಿ. ಕಮೋಡ್ ಕ್ಲೀನರ್‌ಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಮ್ಲದವು. ಅವು ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಕಣ್ಣುರಿ, ಕೆಮ್ಮು, ಉಸಿರುಗಟ್ಟುವಿಕೆ ಕೂಡಲೇ ಶುರುವಾಗುತ್ತದೆ. ‘ಬೆರೆಸಬೇಡಿ’ಯಲ್ಲಿ ನಿಷೇಧ ಪದದ ಕೊನೆಗಿದೆ, ‘ನ ಮಿಲಾಯೇಂ’ನಲ್ಲಿ ಒಂದೇ ಅಕ್ಷರವಾಗಿ ಮುಂದಿದೆ. ಅಕ್ಷರ ಕೂಡಿಸಿ ಓದುವವರು ಎರಡನ್ನೂ ತಪ್ಪಿಸಿಕೊಳ್ಳಬಹುದು. ಎರಡೂ ಬಾಟಲಿಯ ಚಿತ್ರದ ಮೇಲೆ ದೊಡ್ಡ ಕೆಂಪು ಅಡ್ಡಗೀಟು ಹಾಕಲಿ. ಅದಕ್ಕಿಂತ ಖಚಿತವಾದದ್ದು ಬ್ಲೀಚನ್ನು ಟ್ರಾಲಿಗೇ ಕೊಡದಿರುವುದು. ‘ಕಣ್ಣು ಉರಿದರೆ ಹೊರಗೆ ಬನ್ನಿ, ಸೂಪರ್‌ವೈಸರ್ ಕರೆಯಿರಿ’ ಎಂಬ ಸಾಲಂತೂ ಎರಡೂ ಭಾಷೆಯಲ್ಲಿ ದಪ್ಪ ಅಕ್ಷರದಲ್ಲಿ ಇರಲೇಬೇಕು.

ಬರೆದು ಮುಗಿದ ಮೇಲೆ ಪರೀಕ್ಷೆ. ಕನ್ನಡದ ಸಾಲು ನೋಡಿರದ ಒಬ್ಬರಿಂದ ಹಿಂದಿ ಸಾಲನ್ನು ಮತ್ತೆ ಕನ್ನಡಕ್ಕೆ ಹೇಳಿಸಬೇಕು. ಆಮೇಲೆ ಅಂದೇ ಸೇರಿದ ಒಬ್ಬರ ಕೈಗೆ ಕೊಟ್ಟು, ಬಾಯಿ ಬಿಡದೆ ನಿಂತು ನೋಡಬೇಕು. ಅವರ ಕೈ ಎಲ್ಲಿ ತಡೆಯುತ್ತದೋ, ಅವರು ಎಲ್ಲಿ ತಿರುಗಿ ನಮ್ಮ ಮುಖ ನೋಡುತ್ತಾರೋ ಆ ಸಾಲನ್ನು ತಿದ್ದಬೇಕು. ‘ಅರ್ಥವಾಯಿತಾ?’ ಎಂದು ಕೇಳಿದರೆ ಹೊಸಬರೆಲ್ಲ ಹೂಂ ಎನ್ನುತ್ತಾರೆ, ಕೆಲಸ ಹೋಗುವ ಭಯ ಇರುತ್ತದೆ.

ಹಿಂದಿ ಸಾಲು ಎಲ್ಲರಿಗೂ ಸಲ್ಲುತ್ತದೆ ಎಂದೂ ನಂಬಬಾರದು. ಒಡಿಯಾ, ಅಸ್ಸಾಮಿ ಮಾತೃಭಾಷೆಯವರು ಹಿಂದಿ ಮಾತಾಡಿದರೂ ಹಲವರಿಗೆ ದೇವನಾಗರಿ ಓದುವುದು ನಿಧಾನ. ಸಂತಾಲಿ ಮಾತಿನ ಹುಡುಗನಿಗೆ ಹಿಂದಿಯೇ ಎರಡನೆಯ ಭಾಷೆ. ಅಂಥವರಿಗೆ ಮೊದಲ ಕೆಲವು ಕೋಣೆಗಳನ್ನು ಹಳಬರೊಬ್ಬರು ಚೆಕ್‌ಲಿಸ್ಟಿನ ಸಾಲನ್ನು ಬೆರಳಿಟ್ಟು ತೋರಿಸುತ್ತಾ ಜೊತೆಯಲ್ಲಿ ಮಾಡಬೇಕು. ಸಾಲಿನ ಸಂಖ್ಯೆ ಎರಡೂ ಭಾಷೆಗೆ ಒಂದೇ ಇದ್ದರೆ ‘204ರಲ್ಲಿ 7 ಬಾಕಿ’ ಎಂದಷ್ಟೇ ಹೇಳಿದರೂ ಕೆಲಸ ನಡೆಯುತ್ತದೆ.

ಕನ್ನಡಕ್ಕೊಂದು ಹಾಳೆ, ಹಿಂದಿಗೊಂದು ಹಾಳೆ ಮಾಡಿದರೆ ಕ್ಲೀನರ್ ಬದಲಾದಾಗ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತಾರೆ. ಆಗ ಅರ್ಧ ಸಿಬ್ಬಂದಿ ಹಳೆಯ ಅಳತೆಯಲ್ಲೇ ಕೆಲಸ ಮಾಡುತ್ತಾರೆ. ಆದ್ದರಿಂದ ಹಾಳೆ ಒಂದೇ ಇರಲಿ, ಕನ್ನಡದ ಸಾಲಿನ ಕೆಳಗೇ ಹಿಂದಿಯ ಸಾಲು ಬರಲಿ, ಕೊನೆಯಲ್ಲಿ ತಿದ್ದಿದ ತಾರೀಖು ಇರಲಿ. ಹೊಸ ಹಾಳೆ ಬಂದ ದಿನವೇ ಎಲ್ಲ ಟ್ರಾಲಿಗಳಿಂದ ಹಳೆಯದನ್ನು ಎಣಿಸಿ ವಾಪಸ್ ಪಡೆಯಬೇಕು.