ಗೋಡೆಯ ಕೆಳಗೆ ಮೂರು ಮೂರು ಅಡಿ

ಮದ್ದೂರಿನ ಮಗ್ಗುಲಲ್ಲಿರುವ ಶಿವಪುರ ಎಂದರೆ ನಾಡಿಗೆಲ್ಲ 1938ರ ಧ್ವಜ ಸತ್ಯಾಗ್ರಹ ನೆನಪಾಗುತ್ತದೆ. ಹಳೆಯ ಮನೆಗಳ ಗೋಡೆ ನೋಡುವುದೇ ಕೆಲಸವಾಗಿರುವ ನನಗೆ ಆ ಕಾಲದಲ್ಲಿ ಈ ಸೀಮೆಯಲ್ಲಿ ನಡೆದ ಇನ್ನೊಂದು ಬದಲಾವಣೆಯೂ ನೆನಪಾಗುತ್ತದೆ. ಈಗ ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವ ಇರ್ವಿನ್ ನಾಲೆಯ ನೀರು ಮಂಡ್ಯ ಸೀಮೆಗೆ ಹರಿದದ್ದು 1930ರ ದಶಕದಲ್ಲಿ. ರಾಗಿ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು, ಕಬ್ಬು ಬಂತು. ಆದರೆ ನಾಲೆಗಿಂತ ಮೊದಲೇ ಎದ್ದ ಮನೆಗಳ ಪಾಯವನ್ನು ಒಣ ನೆಲ ನಂಬಿ ತೋಡಿದ್ದರು. ಎರಡೂವರೆ ಅಡಿ ಅಗೆದು, ಕಾಡುಗಲ್ಲು ತುಂಬಿ, ಕೆಸರು ಹಾಕಿ ಗೋಡೆ ಎಬ್ಬಿಸಿದ್ದರು. ನೆಲ ಒಣಗಿರುವವರೆಗೆ ಅಷ್ಟು ಸಾಕಾಗಿತ್ತು.

ಈ ಭಾಗದಲ್ಲಿ ಮೇಲೆಲ್ಲ ಕೆಂಪು ಮಣ್ಣೇ ಹೆಚ್ಚು. ತಗ್ಗಿನಲ್ಲಿ ಮಾತ್ರ ಕಪ್ಪು ಜೇಡಿ ಸಿಗುತ್ತದೆ. ಒಣಗಿದ ಜೇಡಿ ಕಲ್ಲಿನಂತೆ ಗಟ್ಟಿ, ನೆನೆದರೆ ಅದೇ ಜೇಡಿ ಹಿಟ್ಟಿನ ಮುದ್ದೆ. ಹಳೆಯ ಗೋಡೆ ಕೂರುವ ಜಾಗ ಹೆಚ್ಚಾಗಿ ಬಚ್ಚಲ ಮೂಲೆಯೇ ಆಗಿರುತ್ತದೆ. ಹತ್ತಾರು ವರ್ಷ ಬಚ್ಚಲ ನೀರು ಗೋಡೆಯ ಬುಡದಲ್ಲೇ ಇಂಗಿರುತ್ತದೆ, ಸೂರಿನ ನೀರೂ ಅಲ್ಲಿಗೇ ಬಿದ್ದಿರುತ್ತದೆ. ಒಂದು ದಿನ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆ ಬಿರುಕು ಕಾಣಿಸಿಕೊಳ್ಳುತ್ತದೆ. ಅದು ಕೆಳಗೆ ಕೂದಲೆಳೆಯಷ್ಟು, ಮೇಲೆ ಬೆರಳು ತೂರುವಷ್ಟು ಇದ್ದರೆ ಮೂಲೆ ತಗ್ಗಿ ಗೋಡೆ ಆಚೆಗೆ ವಾಲುತ್ತಿದೆ ಎಂದು ತಿಳಿಯಬೇಕು. ಬುಡದಲ್ಲೇ ಅಗಲವಾಗಿದ್ದರೆ ಕೂತಿರುವುದು ಗೋಡೆಯ ನಡುಭಾಗ.

ಬಿರುಕು ಕಂಡ ಕೂಡಲೇ ಗೋಡೆಯ ಕೆಳಗೆ ಅಗೆಯಬಾರದು. ಬಿರುಕಿಗೆ ಅಡ್ಡಲಾಗಿ ಒಂದು ತೆಳ್ಳನೆಯ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟಿನಿಂದ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆದಿಡಬೇಕು. ಬಚ್ಚಲ ನೀರನ್ನು ಪೈಪು ಹಾಕಿ ದೂರಕ್ಕೆ ಬಿಡಬೇಕು, ಸೂರಿನ ನೀರಿಗೆ ದೋಣಿ ಕಟ್ಟಬೇಕು. ಆಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಕಾಯಬೇಕು. ಗಾಜು ಒಡೆಯದೇ ಉಳಿದರೆ ಗೋಡೆ ಕೂತಾಗಿದೆ, ಇನ್ನು ಕೂರುವುದಿಲ್ಲ. ಬಿರುಕು ಎಷ್ಟೇ ಹಳೆಯದಿರಲಿ, ಎಷ್ಟೇ ಅಗಲವಿರಲಿ, ಅಂಥ ಗೋಡೆಗೆ ಪಾಯದ ಕೆಲಸ ಬೇಡ. ನಾನು ನೋಡಿದ ಬಿರುಕುಗಳಲ್ಲಿ ಹೆಚ್ಚಿನವು ನೀರು ದೂರವಾದ ಮೇಲೆ ಸುಮ್ಮನಾದವು. ನೀರು ತಪ್ಪಿಸಿದ ಮೇಲೂ ಗಾಜು ಒಡೆದು, ಹೊಸ ಗಾಜೂ ಒಡೆದು, ಬಿರುಕು ಬೇಸಿಗೆಗೆ ತೆರೆದು ಮಳೆಗಾಲಕ್ಕೆ ಮುಚ್ಚದೆ ಒಂದೇ ಕಡೆಗೆ ಬೆಳೆಯುತ್ತಿದ್ದರೆ ಮಾತ್ರ ಗೋಡೆಯ ಭಾರವನ್ನು ಇನ್ನೂ ಆಳದ ಗಟ್ಟಿ ನೆಲಕ್ಕೆ ಇಳಿಸಬೇಕು. ಅದಕ್ಕೆ ಎಂಜಿನಿಯರುಗಳು ಅಂಡರ್‌ಪಿನ್ನಿಂಗ್ ಎನ್ನುತ್ತಾರೆ. ನಿಂತ ಗೋಡೆಯ ಕೆಳಗೇ ಹೊಸ ಪಾಯ ಕಟ್ಟುವುದು ಎಂದರೆ ಮೇಸ್ತ್ರಿಗಳಿಗೂ ತಿಳಿಯುತ್ತದೆ.

ಮಂಡ್ಯ ಜಿಲ್ಲೆಯಲ್ಲೇ ಇದಕ್ಕಿಂತ ದೊಡ್ಡ ಸಾಹಸ ನಡೆದಿದೆ. ರೈಲು ಜೋಡಿಹಳಿಗೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಉಕ್ಕಿನ ತೊಲೆ, ಜಾಕುಗಳ ಮೇಲೆ ಇಡಿಯಾಗಿ ಎತ್ತಿ, ನೂರಕ್ಕೂ ಹೆಚ್ಚು ಮೀಟರ್ ದೂರಕ್ಕೆ ಸಾಗಿಸಿ ಬೇರೆ ಜಾಗದಲ್ಲಿ ಕೂರಿಸಿದರು. ಹಳ್ಳಿಯ ಮನೆಗೆ ಅಷ್ಟು ಶಕ್ತಿ ಇಲ್ಲ, ಅಷ್ಟರ ಅಗತ್ಯವೂ ಇಲ್ಲ. ಗೋಡೆಯನ್ನು ಎತ್ತದೆ, ಅದರ ಕೆಳಗೆ ಚೂರು ಚೂರಾಗಿ ಹೊಸ ನೆಲೆ ಕೊಡಬಹುದು. ಚೂರು ಚೂರಾಗಿಯೇ ಏಕೆ ಎಂಬುದನ್ನು ಒಂದು ಗೋಡೆ ಇಟ್ಟುಕೊಂಡು ಲೆಕ್ಕ ಹಾಕೋಣ.

ಗೋಡೆಯ ಉದ್ದ ಒಂಬತ್ತು ಮೀಟರ್, ದಪ್ಪ ಒಂದೂವರೆ ಅಡಿ, ಎತ್ತರ ಹನ್ನೊಂದು ಅಡಿ. ಕಲ್ಲು, ಕೆಸರು, ಮೇಲಿನ ಹೆಂಚು, ಜಂತೆ ಎಲ್ಲ ಸೇರಿ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 4 ಟನ್ ಭಾರ. ಪಾಯದ ಅಗಲ ಎರಡೂವರೆ ಅಡಿ, ಅಂದರೆ 75 ಸೆಂಟಿಮೀಟರ್. ಹಾಗಾಗಿ ಅದರ ಕೆಳಗಿನ ಮಣ್ಣಿನ ಮೇಲೆ ಚದರ ಮೀಟರಿಗೆ ಐದೂಕಾಲು ಟನ್ನಿನಷ್ಟು ಒತ್ತಡವಿದೆ. ನೆನೆದ ಮೆದು ಜೇಡಿ ಸುಮಾರು 10 ಟನ್ ತಾಳೀತು ಎಂದಿಟ್ಟುಕೊಳ್ಳಿ.

ಈಗ ಗೋಡೆಯ ಬುಡದಲ್ಲಿ ಮೂರಡಿ ಉದ್ದ, ಅಂದರೆ 90 ಸೆಂಟಿಮೀಟರ್, ಮಣ್ಣು ತೆಗೆದೆವು. ಅಷ್ಟು ಭಾಗದ ಗೋಡೆ ಬೀಳಬೇಕಲ್ಲ? ಬೀಳುವುದಿಲ್ಲ. ಗೋಡೆಯ ಕಲ್ಲುಗಳು ಒಂದರ ಮೇಲೊಂದು ಸಂದು ತಪ್ಪಿಸಿ ಕೂತಿರುವುದರಿಂದ ಮೇಲಿನ ಭಾರ ಕಮಾನಿನ ಹಾಗೆ ಬಾಗಿ ಎರಡೂ ಪಕ್ಕಕ್ಕೆ ಇಳಿಯುತ್ತದೆ. ತೂತಿನ ನೇರ ಮೇಲೆ ಒಂದು ತ್ರಿಕೋನದಷ್ಟು ಕಲ್ಲು ಮಾತ್ರ ಆಸರೆ ತಪ್ಪಿ ತೂಗಾಡುತ್ತದೆ. ಬಾಗಿಲಿನ ಲಿಂಟಲ್ ಹೊರುವುದೂ ಇಂಥ ತ್ರಿಕೋನವನ್ನೇ. ಮೂರು ಬದಿಯೂ ಸಮವಾದ ತ್ರಿಕೋನ ಎಂದುಕೊಂಡರೆ 90 ಸೆಂಟಿಮೀಟರ್ ತೂತಿನ ಮೇಲೆ ಅದರ ತೂಕ ಸುಮಾರು 350 ಕಿಲೊ. ಒಂದು ಚಪ್ಪಡಿ ಕಲ್ಲು, ಎರಡು ಜಾಕು ಕೊಟ್ಟರೆ ನಿಲ್ಲುವಷ್ಟೇ ಭಾರ.

ಕೆಲಸ ಬೇಗ ಮುಗಿಯಲಿ ಎಂದು ಮೂರು ಮೀಟರ್ ಒಟ್ಟಿಗೆ ತೆರೆದರೆ ಏನಾಗುತ್ತದೆ? ತೂತು ಮೂರೂಕಾಲು ಪಟ್ಟು ಉದ್ದವಾಯಿತು. ತ್ರಿಕೋನ ಮಾತ್ರ ಅಡ್ಡಕ್ಕೂ ಬೆಳೆಯುತ್ತದೆ, ಎತ್ತರಕ್ಕೂ ಬೆಳೆಯುತ್ತದೆ. ಹಾಗಾಗಿ ಅದರ ತೂಕ ಹನ್ನೊಂದು ಪಟ್ಟಾಗಿ ನಾಲ್ಕು ಟನ್ನಿನ ಹತ್ತಿರ ಬರುತ್ತದೆ. ಅದರ ತುದಿ ಎಂಟೂವರೆ ಅಡಿ ಮೇಲೆ ಇರುವುದರಿಂದ ನಡುವೆ ಕಿಟಕಿ ಸಿಕ್ಕಿಬಿಡುತ್ತದೆ. ಕಿಟಕಿ ಇರುವ ಕಡೆ ಕಮಾನು ಬಾಗಲು ಕಲ್ಲೇ ಇಲ್ಲ. ಕೆಸರಿನ ಗೋಡೆಯಲ್ಲಿ ಕಲ್ಲಿಗೂ ಕಲ್ಲಿಗೂ ಹಿಡಿತ ಮೊದಲೇ ಕಡಿಮೆ.

ಪಕ್ಕದ ಮಣ್ಣಿನ ಪಾಡನ್ನೂ ನೋಡಬೇಕು. ಮೂರಡಿ ತೆರೆದಾಗ ಆ ಭಾಗದ 3.6 ಟನ್ ಎರಡೂ ಕಡೆಯ ಮೂರು ಮೂರು ಅಡಿಗೆ ಹಂಚಿಹೋಯಿತು ಎನ್ನಿ. ಅಲ್ಲಿ ಒತ್ತಡ ಐದೂಕಾಲರಿಂದ ಎಂಟು ಟನ್ನಿಗೆ ಏರುತ್ತದೆ. ಜೇಡಿ ಅಷ್ಟನ್ನು ಕೆಲವು ದಿನ ತಾಳಿಕೊಳ್ಳುತ್ತದೆ. ಮೂರು ಮೀಟರ್ ತೆರೆದರೆ ಅದೇ ಮೂರಡಿಯ ಮೇಲೆ ಹದಿನಾಲ್ಕು ಟನ್ ಕೂರುತ್ತದೆ. ಅಂದರೆ ಕೂತ ಮೂಲೆಯನ್ನು ಉಳಿಸಲು ಹೋಗಿ, ಕೂರದೇ ಇದ್ದ ಗೋಡೆಯನ್ನೂ ನಾವೇ ಕೂರಿಸಿದಂತಾಗುತ್ತದೆ. ಸಿಮೆಂಟು ಗಾರೆಯ ಒಳ್ಳೆಯ ಇಟ್ಟಿಗೆ ಗೋಡೆಗೆ ಒಂದು ತುಂಡು ನಾಲ್ಕೂವರೆ ಅಡಿಯವರೆಗೂ ಹೋಗಬಹುದು. ಕೆಸರಿನ ಗೋಡೆಗೆ ಮೂರಡಿಯೇ ಮಿತಿ, ಸಡಿಲವಿದ್ದರೆ ಎರಡೇ ಅಡಿ.

ನಮ್ಮ ಒಂಬತ್ತು ಮೀಟರ್ ಗೋಡೆಯಲ್ಲಿ ಹೀಗೆ ಹತ್ತು ತುಂಡು. ಗೋಡೆಯ ಮೇಲೆ ಸುಣ್ಣದಲ್ಲಿ ಒಂದರಿಂದ ಹತ್ತರವರೆಗೆ ಬರೆದುಬಿಡಬೇಕು, ಬಾಯಿಮಾತಿನಲ್ಲಿ ಬಿಟ್ಟರೆ ಮೂರನೇ ದಿನಕ್ಕೆ ಗೊಂದಲವಾಗುತ್ತದೆ. ಮೊದಲ ಸರದಿಗೆ 2 ಮತ್ತು 7, ಆಮೇಲೆ 4 ಮತ್ತು 9, ಮೂರನೆಯದಕ್ಕೆ 1 ಮತ್ತು 6, ನಂತರ 3 ಮತ್ತು 8, ಕೊನೆಗೆ 5 ಮತ್ತು 10. ಹೀಗೆ ಮಾಡಿದರೆ ಯಾವ ಹೊತ್ತಿನಲ್ಲೂ ಗೋಡೆಯ ಐದರಲ್ಲಿ ಒಂದು ಪಾಲು ಮಾತ್ರ ತೆರೆದಿರುತ್ತದೆ, ಅಕ್ಕಪಕ್ಕದ ಎರಡು ತುಂಡು ಎಂದೂ ಒಟ್ಟಿಗೆ ತೆರೆಯುವುದಿಲ್ಲ. ಮೂಲೆಯನ್ನೇ ಮೊದಲು ಮಾಡಿ ಎಂದು ಮನೆಯವರು ಅವಸರ ಮಾಡುವುದುಂಟು, ಬಿರುಕು ಇರುವುದು ಅಲ್ಲೇ ತಾನೇ. ಆದರೆ ತುದಿಯಲ್ಲಿ ಕಮಾನಿಗೆ ಒಂದೇ ಕಾಲು. ಅದಕ್ಕೇ 2ನೆಯ ತುಂಡು ಗಟ್ಟಿಯಾದ ಮೇಲೆ 1ನೆಯದಕ್ಕೆ ಕೈ ಹಾಕಬೇಕು.

ಒಂದು ತುಂಡಿನ ಕೆಲಸ ಹೀಗೆ ಸಾಗುತ್ತದೆ. ಮೊದಲು ಹೊರಗಡೆ, ಗೋಡೆಗೆ ತಾಗಿದಂತೆ, ಒಬ್ಬ ಮನುಷ್ಯ ಇಳಿದು ನಿಲ್ಲುವಷ್ಟು ಗುಂಡಿ. ಅದರ ಪಕ್ಕಗಳಿಗೆ ಹಲಗೆ ಕೊಟ್ಟು, ನಡುವೆ ಅಡ್ಡ ಕೊರಡು ಬಿಗಿಯಬೇಕು. ಅಲ್ಲಿಂದ ಗೋಡೆಯ ಕೆಳಕ್ಕೆ ಕೊರೆಯುತ್ತಾ ಹೋಗಬೇಕು. ಹಳೆಯ ಪಾಯದ ಅಡಿಗಲ್ಲುಗಳು ಕೆಸರೂ ಇಲ್ಲದೆ ಬರೀ ಜೋಡಿಸಿದವು, ಕೆಳಗಿನ ಮಣ್ಣು ಹೋದೊಡನೆ ಒಂದೊಂದೇ ಕಳಚುತ್ತವೆ. ಚಪ್ಪಡಿ ಬೇಕಾಗುವುದು ಆಗಲೇ. ಜೇಡಿ ಮುಗಿದು ಗರಸು ಸಿಗುವವರೆಗೆ ಇಳಿಯಬೇಕು. ಹಾರೆ ಹಾಕಿದಾಗ ಜೇಡಿಯಲ್ಲಿ ಅದು ಸದ್ದಿಲ್ಲದೆ ಇಳಿಯುತ್ತದೆ, ಗರಸಿಗೆ ಬಿದ್ದಾಗ ಕಿರ್ ಎಂದು ತಡೆಯುತ್ತದೆ. ನಮ್ಮ ಲೆಕ್ಕದ ಗೋಡೆಗೆ ಅದು ಐದೂವರೆ ಅಡಿಯಲ್ಲಿ ಸಿಕ್ಕಿತು ಎಂದುಕೊಳ್ಳೋಣ. ಜೇಡಿಯ ನಡುವೆಯೇ ನಿಲ್ಲಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ, ಹೊಸ ಪಾಯವೂ ಹಳೆಯದರಂತೆ ಏರಿ ಇಳಿಯುತ್ತದೆ.

ತಳದ ಕೆಸರು ಬಳಿದು ತೆಗೆದು, ಜಲ್ಲಿ ಕಾಂಕ್ರೀಟು ತುಂಬಬೇಕು. ಪಕ್ಕದ ತುಂಡಿಗೆ ಕಚ್ಚಿಕೊಳ್ಳಲು ಎರಡು ಬದಿಯಿಂದಲೂ ಕಂಬಿ ತುಂಡುಗಳನ್ನು ಹೊರಚಾಚಿ ಬಿಡಬೇಕು. ಆದರೆ ಕಾಂಕ್ರೀಟನ್ನು ಹಳೆಯ ಕಲ್ಲಿಗೆ ತಾಗುವವರೆಗೆ ತುಂಬಬಾರದು. ಮೂರು ಅಂಗುಲ ಜಾಗ ಬಿಡಬೇಕು. ಹಸಿ ಕಾಂಕ್ರೀಟು ಗಟ್ಟಿಯಾಗುವಾಗ ಕುಗ್ಗುತ್ತದೆ. ತಾಗಿಸಿ ತುಂಬಿದರೂ ಮಾರನೆಯ ದಿನಕ್ಕೆ ನಡುವೆ ಕೂದಲೆಳೆಯ ಸಂದು ಬಿಡುತ್ತದೆ, ಗೋಡೆ ಆ ಸಂದನ್ನು ತುಂಬಲು ಮತ್ತೆ ಇಳಿಯುತ್ತದೆ. ಒಂದೆರಡು ದಿನ ಬಿಟ್ಟು ಆ ಮೂರು ಅಂಗುಲಕ್ಕೆ ಒಂದಕ್ಕೆ ಮೂರರ ಸಿಮೆಂಟು ಗಾರೆ ಹೊಡೆಯಬೇಕು. ಈ ಗಾರೆ ಬಹುತೇಕ ಒಣಗಿದ್ದು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು, ಅಂಗೈ ಮಾತ್ರ ಒದ್ದೆಯಾಗಬಾರದು. ಹಿಂದಿನಿಂದ ಶುರುಮಾಡಿ, ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆದು ಹೊಡೆದು ತುಂಬಬೇಕು. ಸುತ್ತಿಗೆಯ ಸದ್ದು ಡಬ್ಬೆನ್ನುತ್ತಿದ್ದದ್ದು ಟಣ್ಣೆನ್ನುವವರೆಗೆ ಬಿಡಬಾರದು. ಗೋಡೆಯ ಭಾರ ಹೊಸ ಪಾಯಕ್ಕೆ ದಾಟುವುದು ಈ ಮೂರು ಅಂಗುಲದ ಮೂಲಕವೇ, ಆದರೂ ಕೆಲಸ ಕೆಡುವುದು ಬಹುಪಾಲು ಇಲ್ಲೇ. ನೀರು ಹೆಚ್ಚು ಹಾಕಿ ಕರಣೆಯಲ್ಲಿ ಮೆತ್ತಿ ಹೊರಗಿನಿಂದ ನುಣ್ಣಗೆ ಮಾಡಿದರೆ, ಒಳಗೆ ಪೊಳ್ಳಿರುವುದು ಯಾರಿಗೂ ಕಾಣುವುದಿಲ್ಲ. ಗಾರೆ ಹೊಡೆದು ಇನ್ನೂ ಎರಡು ದಿನ ಕಳೆದ ಮೇಲೆ ಮುಂದಿನ ಸರದಿ. ಐದು ಸರದಿಗೆ ಹತ್ತಿರ ಹತ್ತಿರ ಒಂದು ತಿಂಗಳು.

ಈ ಕೆಲಸಕ್ಕೆ ನಾಲೆಯಲ್ಲಿ ನೀರು ನಿಲ್ಲಿಸಿದ ಬೇಸಿಗೆಯೇ ಸರಿಯಾದ ಕಾಲ. ಗುಂಡಿಗೆ ನೀರು ಬರುತ್ತಿದ್ದರೆ ಮೋಟಾರು ಇಟ್ಟು ಎಳೆಯೋಣ ಎನಿಸುತ್ತದೆ, ಆದರೆ ನೀರಿನ ಜೊತೆ ಗೋಡೆಯ ಕೆಳಗಿನ ನುಣ್ಣನೆಯ ಮಣ್ಣೂ ಹೊರಟುಬಿಡುತ್ತದೆ. ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್ಲಿನಲ್ಲಿ ನೂರು ವರ್ಷದ ಹಿಂದೆ ಎದುರಾದದ್ದು ಇದೇ ತೊಡಕು. ಮೆದು ಕೊಳೆಮಣ್ಣಿನ ಮೇಲೆ ನಿಂತಿದ್ದ ಆ ದೊಡ್ಡ ಕಟ್ಟಡ ಕೂರುತ್ತಿತ್ತು, ಗುಂಡಿ ತೋಡಿದರೆ ನೀರು ತುಂಬುತ್ತಿತ್ತು, ನೀರು ಎತ್ತಿದರೆ ಗೋಡೆಗೇ ಅಪಾಯ. ಕೊನೆಗೆ ವಿಲಿಯಂ ವಾಕರ್ ಎಂಬ ಮುಳುಗುಗಾರ 1906ರಿಂದ 1911ರವರೆಗೆ, ಕಣ್ಣು ಕಾಣದ ಕಪ್ಪು ನೀರಿನೊಳಗೆ ಕೈಯಲ್ಲೇ ತಡವುತ್ತಾ, ಇಕ್ಕಟ್ಟಾದ ಗುಂಡಿಗಳಲ್ಲಿ ಒಂದಾದ ಮೇಲೊಂದರಂತೆ ಇಳಿದು, ತಳದ ಗರಸಿನ ಮೇಲೆ ಕಾಂಕ್ರೀಟಿನ ಚೀಲಗಳನ್ನು ಜೋಡಿಸಿದ. ತಳ ಹಾಗೆ ಮುಚ್ಚಿದ ಮೇಲೆ ಮಾತ್ರ ಆ ಗುಂಡಿಯ ನೀರೆತ್ತಿ ಮೇಲಿನ ಪಾಯ ಕಟ್ಟಿದರು. ಆ ಕೆಥೆಡ್ರಲ್ ಇಂದಿಗೂ ನಿಂತಿದೆ.

ಮೂಲೆಯ ಮೂರು ತುಂಡು ಮಾತ್ರ ಮಾಡಿ ಉಳಿದದ್ದನ್ನು ಬಿಟ್ಟರೆ ಸಾಲದೇ ಎಂದು ಕೇಳುವವರುಂಟು. ಮೂಲೆ ಕೂರಲು ಬಚ್ಚಲ ನೀರೊಂದೇ ಕಾರಣವಾಗಿದ್ದು, ಆಚೆಯ ನೆಲ ಕೆಂಪು ಗಟ್ಟಿಮಣ್ಣಾಗಿದ್ದರೆ ಸಾಕು. ಉದ್ದಕ್ಕೂ ಜೇಡಿಯೇ ಇದ್ದರೆ ಸಾಲದು. ಪಾಯ ಹಾಕಿದ ಭಾಗ ಅಲುಗದೆ ನಿಲ್ಲುತ್ತದೆ, ಉಳಿದದ್ದು ಪ್ರತಿ ವರ್ಷವೂ ಜೇಡಿಯ ಜೊತೆ ಏರಿಳಿಯುತ್ತದೆ. ಆಗ ಎರಡೂ ಸೇರುವ ಕಡೆ ಹೊಸ ಬಿರುಕು ಬಿಡುತ್ತದೆ.

ಹತ್ತೂ ತುಂಡು ಮುಗಿದ ಮೇಲೂ ಹಳೆಯ ಬಿರುಕು ಮುಚ್ಚಿಕೊಳ್ಳುವುದಿಲ್ಲ. ಈ ಕೆಲಸ ಗೋಡೆಯನ್ನು ಕೂತಲ್ಲೇ ನಿಲ್ಲಿಸುತ್ತದೆ, ಮೇಲೆತ್ತುವುದಿಲ್ಲ. ಬಿರುಕಿಗೆ ಗಾರೆ ತುಂಬುವ ಮೊದಲು ಮತ್ತೊಂದು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಬೇಕು. ನಾಲೆಯಲ್ಲಿ ನೀರು ಬಿಟ್ಟು, ಗದ್ದೆ ತುಂಬಿ, ಭತ್ತ ಕೊಯ್ದು, ನೆಲ ಒಣಗುವವರೆಗೂ ಆ ಗಾಜು ಹಾಗೇ ಇದ್ದರೆ ಬಿರುಕಿಗೆ ಗಾರೆ ತುಂಬಿ ಸುಣ್ಣ ಬಳಿಯಬಹುದು.