ಮೊದಲ ವಾರ, ಮೊದಲ ಟಿಕೆಟ್

ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಬೆಂಗಳೂರಿನ ಒಂದು ಸಣ್ಣ ಕಂಪನಿಯನ್ನು ಊಹಿಸಿಕೊಳ್ಳಿ. ಇಂಜಿನಿಯರಿಂಗ್ ಮುಗಿಸಿದ ಹಾಸನದ ಹುಡುಗಿಯೊಬ್ಬಳು ಸೋಮವಾರ ಅಲ್ಲಿ ಜೂನಿಯರ್ ಡೆವಲಪರ್ ಆಗಿ ಸೇರುತ್ತಾಳೆ. ಶುಕ್ರವಾರದೊಳಗೆ ಅವಳು ತಿದ್ದುವ ಕೋಡ್ ಬಹುಶಃ ಒಂದೇ ಸಾಲು. ಆದರೆ ಆ ಒಂದು ಸಾಲು ಸಂಘದ ಕೌಂಟರಿನಲ್ಲಿರುವ ಕಂಪ್ಯೂಟರಿಗೆ ಹೇಗೆ ತಲುಪುತ್ತದೆ, ನಡುವೆ ಯಾರ ಯಾರ ಕೈ ದಾಟುತ್ತದೆ ಎಂಬುದನ್ನು ಅವಳು ಪೂರ್ತಿಯಾಗಿ ಕಂಡಿರಬೇಕು. ಮೊದಲ ವಾರದ ಕೆಲಸದ ಪಟ್ಟಿಯ ಉದ್ದೇಶ ಇದೇ.

ಆ ಪಟ್ಟಿ ಇರುವುದು ಟ್ರ್ಯಾಕರಿನಲ್ಲಿ. ತಂಡದ ಪ್ರತಿಯೊಂದು ಕೆಲಸವನ್ನೂ ಒಂದೊಂದು ಟಿಕೆಟ್ ಎಂದು ಬರೆದಿಟ್ಟು, ಅದು ಯಾರ ಕೈಯಲ್ಲಿದೆ, ಯಾವ ಹಂತಕ್ಕೆ ಬಂದಿದೆ ಎಂದು ತೋರಿಸುವ ತಂತ್ರಾಂಶ ಅದು. ಮೊಜಿಲ್ಲಾ ತಂಡದ ಬಗ್‌ಜಿಲ್ಲಾ ಹೊರಬಂದದ್ದು 1998ರಲ್ಲಿ. ಇಂದು ಬಹಳಷ್ಟು ಐಟಿ ಕಂಪನಿಗಳಲ್ಲಿ ಕಾಣುವ ಜಿರಾ 2002ರದ್ದು, ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿಯ ತಯಾರಿ. ಯಾವುದನ್ನು ಬಳಸಿದರೂ ತೆರೆಯ ಮೇಲೆ ಕಾಣುವುದು ಹೆಚ್ಚು ಕಡಿಮೆ ಒಂದೇ: ಕೆಲವು ಕಾಲಂಗಳಿರುವ ಬೋರ್ಡ್, ಒಂದೊಂದು ಕಾಲಂನಲ್ಲೂ ಚೀಟಿಗಳಂತೆ ಜೋಡಿಸಿದ ಟಿಕೆಟ್‌ಗಳು. ಎಡತುದಿಯ `To Do` ಎಂದರೆ ಇನ್ನೂ ಯಾರೂ ಶುರು ಮಾಡದ ಕೆಲಸ. `In Progress` ಎಂದರೆ ಈಗ ಯಾರೋ ಮಾಡುತ್ತಿರುವುದು. `In Review` ಎಂದರೆ ಮಾಡಿ ಮುಗಿಸಿ, ಇನ್ನೊಬ್ಬರ ಪರಿಶೀಲನೆಗೆ ಕೊಟ್ಟದ್ದು. ಬಲತುದಿಯದು `Done`.

ಕೋಡ್ ಮುಟ್ಟುವ ಮುಂಚಿನ ಎರಡು ದಿನ

ಒಳ್ಳೆಯ ತಂಡಗಳು ಹೊಸಬರ ಸಿದ್ಧತೆಯ ಕೆಲಸಗಳನ್ನೂ ಟಿಕೆಟ್‌ಗಳಾಗಿಯೇ ಬರೆದಿಟ್ಟಿರುತ್ತವೆ. ಇಮೇಲ್ ಮತ್ತು ಟ್ರ್ಯಾಕರ್ ಖಾತೆ ತೆರೆಸುವುದು, ಕೋಡ್ ಇರುವ ಭಂಡಾರಕ್ಕೆ ಪ್ರವೇಶ ಪಡೆಯುವುದು, ಅದರ ಪ್ರತಿಯನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು, ಪ್ರೋಗ್ರಾಂ ಅನ್ನು ಅಲ್ಲೇ ಓಡಿಸುವುದು, ಏನನ್ನೂ ಬದಲಾಯಿಸದೆ ಎಲ್ಲ ಟೆಸ್ಟ್‌ಗಳನ್ನು ಒಮ್ಮೆ ನಡೆಸಿ ನೋಡುವುದು. ಕೊನೆಯದನ್ನು ಹಲವರು ಬಿಟ್ಟುಬಿಡುತ್ತಾರೆ. ಆದರೆ ಸೋಮವಾರವೇ ಸೋಲುತ್ತಿದ್ದ ಟೆಸ್ಟ್ ಗುರುವಾರ ಕಣ್ಣಿಗೆ ಬಿದ್ದರೆ, ಅದು ತನ್ನ ತಪ್ಪೋ ಮೊದಲಿನಿಂದಲೇ ಇದ್ದದ್ದೋ ಎಂದು ಹುಡುಕುವುದರಲ್ಲೇ ಹೊಸಬರ ಅರ್ಧ ದಿನ ಕಳೆಯುತ್ತದೆ.

ಈ ಎರಡು ದಿನಗಳಲ್ಲಿ ಹೆಚ್ಚು ಹೊತ್ತು ಹೋಗುವುದು ಕಾಯುವುದರಲ್ಲಿ. ಪ್ರವೇಶ ಕೊಡಬೇಕಾದವರು ರಜೆಯಲ್ಲಿರಬಹುದು, ಕೋರಿಕೆ ಇನ್ನೊಂದು ವಿಭಾಗದಲ್ಲಿ ನಿಂತಿರಬಹುದು. ಇಂಥ ಹೊತ್ತಿನಲ್ಲಿ ಸುಮ್ಮನೆ ಕೂರದೆ ಟಿಕೆಟ್ಟಿನಲ್ಲೇ ಒಂದು ಟಿಪ್ಪಣಿ ಬರೆಯಬೇಕು: ‘ಟೆಸ್ಟ್ ಡೇಟಾಬೇಸಿನ ಪ್ರವೇಶ ಬೇಕು. ಸೋಮವಾರ 11 ಗಂಟೆಗೆ ಸಿಸ್ಟಂ ವಿಭಾಗಕ್ಕೆ ಕೋರಿಕೆ ಕಳಿಸಿದ್ದೇನೆ. ಅಲ್ಲಿಯವರೆಗೆ ಕೋಡ್ ಓದುತ್ತಿರುತ್ತೇನೆ.’ ಏನು ಬೇಕು, ಯಾರನ್ನು ಕೇಳಿದ್ದು, ಯಾವಾಗ ಕೇಳಿದ್ದು ಎಂಬ ಮೂರೂ ಇದ್ದರೆ ಬೆಳಗಿನ ಸ್ಟ್ಯಾಂಡಪ್ ಸಭೆಯಲ್ಲಿ ಲೀಡ್ ಅದನ್ನು ನೋಡಿ ಒಂದು ಫೋನ್ ಮಾಡಿ ಬಿಡಿಸಬಲ್ಲರು. ‘ಬ್ಲಾಕ್ ಆಗಿದೆ’ ಎಂದಷ್ಟೇ ಬರೆದರೆ ಅವರು ಮತ್ತೆ ನಿಮ್ಮನ್ನೇ ಕೇಳಬೇಕಾಗುತ್ತದೆ.

ಪ್ರೋಗ್ರಾಂ ಓಡಿಸುವಾಗಲೂ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುವುದು ಸಾಮಾನ್ಯ. ನಮ್ಮ ಹುಡುಗಿಗೆ `connection refused` ಎಂಬ ಸಂದೇಶ ಬಂತೆಂದುಕೊಳ್ಳಿ. ಅವಳ ಯಂತ್ರದಲ್ಲಿ ಡೇಟಾಬೇಸನ್ನು ಯಾರೂ ಚಾಲೂ ಮಾಡಿಲ್ಲ, ಮೊದಲು ಅದನ್ನು ಚಾಲೂ ಮಾಡಿ ಎಂಬ ಮಾತು `README` ಕಡತದಲ್ಲಿ ಇಲ್ಲ. ಹಳಬರಿಗೆ ಅದು ರೂಢಿಯಾಗಿಬಿಟ್ಟಿರುವುದರಿಂದ ಬರೆಯಬೇಕೆಂದು ಯಾರಿಗೂ ಹೊಳೆದಿರುವುದಿಲ್ಲ. ಆ ಸಾಲನ್ನು ಸೇರಿಸುವುದು ಹೊಸಬರು ಮಾಡಬಹುದಾದ ಮೊದಲ ಉಪಯುಕ್ತ ಕೆಲಸ. ಆ ಕೊರತೆ ಅವರ ಕಣ್ಣಿಗೆ ಬೀಳುವುದೂ ಈ ಒಂದು ವಾರ ಮಾತ್ರ.

ಟಿಕೆಟ್ಟನ್ನು ಓದುವ ಬಗೆ

ಬುಧವಾರ ಲೀಡ್ ಅವಳ ಹೆಸರಿಗೆ `MEM-214` ಎಂಬ ಟಿಕೆಟ್ ಹಾಕುತ್ತಾರೆ. ಮುಂದಿನ ಮೂರು ಅಕ್ಷರ ಯೋಜನೆಯ ಗುರುತು, ಹಿಂದಿನದು ಕ್ರಮಸಂಖ್ಯೆ. ಶೀರ್ಷಿಕೆ ಹೀಗಿದೆ: ‘ಕನ್ನಡದಲ್ಲಿ ಉದ್ದದ ಹೆಸರು ಬರೆದರೆ ಸದಸ್ಯತ್ವ ಅರ್ಜಿ ಸ್ವೀಕಾರವಾಗುತ್ತಿಲ್ಲ.’ ಕೆಳಗೆ ದೋಷವನ್ನು ಮತ್ತೆ ಕಾಣುವ ಕ್ರಮವಿದೆ: ಹೊಸ ಸದಸ್ಯರ ಅರ್ಜಿ ತೆರೆಯಿರಿ, ಹೆಸರಿನ ಜಾಗದಲ್ಲಿ ‘ಲಕ್ಷ್ಮೀನಾರಾಯಣಸ್ವಾಮಿ’ ಎಂದು ಬರೆಯಿರಿ, ಉಳಿಸಿ ಎಂಬುದನ್ನು ಒತ್ತಿ. ಹೆಸರಿನ ಮಿತಿ 50 ಅಕ್ಷರ, ಆದ್ದರಿಂದ ಅರ್ಜಿ ಉಳಿಯಬೇಕಿತ್ತು. ಆಗುತ್ತಿರುವುದು ‘ಹೆಸರು ಬಹಳ ಉದ್ದವಾಗಿದೆ’ ಎಂಬ ಸಂದೇಶ. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ತೊಂದರೆಯಿಲ್ಲ.

ಹೊಸಬರು ಇಲ್ಲಿ ನೇರವಾಗಿ ಕೋಡಿಗೆ ಕೈಹಾಕುತ್ತಾರೆ. ಅದಕ್ಕೂ ಮೊದಲು ಮಾಡಬೇಕಾದ ಎರಡು ಕೆಲಸಗಳಿವೆ. ಒಂದು, ಬರೆದ ಕ್ರಮದಲ್ಲೇ ಮಾಡಿ ದೋಷ ತನ್ನ ಯಂತ್ರದಲ್ಲೂ ಕಾಣುತ್ತದೆಯೇ ಎಂದು ನೋಡುವುದು. ಕಾಣದ ದೋಷವನ್ನು ಸರಿಪಡಿಸಿದ್ದೇನೆ ಎಂದು ಹೇಳಲು ಯಾವ ಆಧಾರವೂ ಇರುವುದಿಲ್ಲ. ಎರಡು, ಕೆಲಸ ಮುಗಿದಿದೆ ಎಂದು ಯಾವಾಗ ಹೇಳಬಹುದು ಎಂಬುದನ್ನು ಗೊತ್ತು ಮಾಡಿಕೊಳ್ಳುವುದು. ಈ ಟಿಕೆಟ್ಟಿನಲ್ಲಿ ಆ ಷರತ್ತುಗಳಿಲ್ಲ. ಅದೂ ಅಲ್ಲದೆ ‘50 ಅಕ್ಷರ’ ಎಂದರೆ ಯಾವ ಲೆಕ್ಕ? ಕಣ್ಣಿಗೆ ಆ ಹೆಸರಿನಲ್ಲಿ ಕಾಣುವುದು ಎಂಟು ಅಕ್ಷರ: ಲ, ಕ್ಷ್ಮೀ, ನಾ, ರಾ, ಯ, ಣ, ಸ್ವಾ, ಮಿ. ಕಂಪ್ಯೂಟರ್ ಬಳಸುವ ಯೂನಿಕೋಡ್‌ನಲ್ಲಿ ವ್ಯಂಜನ, ವಿರಾಮ ಚಿಹ್ನೆ, ಸ್ವರಚಿಹ್ನೆ ಎಲ್ಲವೂ ಬೇರೆ ಬೇರೆ, ಹಾಗಾಗಿ ಅಲ್ಲಿ ಅದು 19.

ಅವಳು ಈ ಪ್ರಶ್ನೆಯನ್ನು ಟಿಕೆಟ್ಟಿನಲ್ಲೇ ಕೇಳುತ್ತಾಳೆ. ಡೇಟಾಬೇಸ್ ಎಣಿಸುವುದು ಯೂನಿಕೋಡ್ ಲೆಕ್ಕದಲ್ಲಿ, ನಾವೂ ಹಾಗೇ ಎಣಿಸೋಣ ಎಂದು ಲೀಡ್ ಅಲ್ಲೇ ಉತ್ತರಿಸುತ್ತಾರೆ. ಅದನ್ನು ಆಧರಿಸಿ ಅವಳು ಮೂರು ಷರತ್ತು ಬರೆದು ಒಪ್ಪಿಗೆ ಪಡೆಯುತ್ತಾಳೆ: 50ರವರೆಗಿನ ಕನ್ನಡ ಹೆಸರು ಉಳಿಯಬೇಕು, 51 ಆದರೆ ಉಳಿಯಬಾರದು, ಇಂಗ್ಲಿಷ್ ಹೆಸರುಗಳಿಗೆ ಯಾವ ವ್ಯತ್ಯಾಸವೂ ಆಗಬಾರದು. ಇದೇ ಮಾತು ಕಾಫಿ ಕುಡಿಯುತ್ತಾ ಆಗಿದ್ದರೆ ಇಬ್ಬರ ನೆನಪಿನಲ್ಲಿ ಉಳಿಯುತ್ತಿತ್ತು. ಆರು ತಿಂಗಳ ನಂತರ ಈ ಕೋಡ್ ನೋಡುವ ಮೂರನೆಯವರಿಗೆ ಸಿಗುತ್ತಿರಲಿಲ್ಲ. ಕಾಫಿಯ ಹೊತ್ತಿನಲ್ಲಿ ತೀರ್ಮಾನವಾದರೂ ಅದನ್ನು ಎರಡು ಸಾಲಿನಲ್ಲಿ ಟಿಕೆಟ್ಟಿಗೆ ಸೇರಿಸುವುದು ಅದಕ್ಕಾಗಿಯೇ.

ಎಡದಿಂದ ಬಲಕ್ಕೆ

ಈಗ ಟಿಕೆಟ್ಟನ್ನು `In Progress`ಗೆ ಸರಿಸಿ ಕೆಲಸ ಶುರು. ಈ ಕಾಲಂನಲ್ಲಿ ಒಬ್ಬರ ಹೆಸರಿನಲ್ಲಿ ಒಂದೇ ಟಿಕೆಟ್ ಇರುವುದು ಲೇಸು. ನಾಲ್ಕು ಇದ್ದರೆ ಅವುಗಳಲ್ಲಿ ಮೂರು ನಿಂತಿವೆ ಎಂದೇ ಅರ್ಥ, ಬೋರ್ಡ್ ಮಾತ್ರ ನಡೆಯುತ್ತಿವೆ ಎಂದು ತೋರಿಸುತ್ತಿರುತ್ತದೆ. ಕೋಡಿನ ಪ್ರತ್ಯೇಕ ಕವಲಿಗೆ, ಅಂದರೆ ಬ್ರ್ಯಾಂಚಿಗೆ, ಅವಳು `MEM-214-kannada-name-length` ಎಂದು ಹೆಸರಿಡುತ್ತಾಳೆ. ಟ್ರ್ಯಾಕರನ್ನೂ ಕೋಡ್ ಭಂಡಾರವನ್ನೂ ಜೋಡಿಸಿದ್ದರೆ, ಹೆಸರಿನಲ್ಲಿರುವ ಆ ಸಂಖ್ಯೆಯನ್ನು ಕಂಡು ಬದಲಾವಣೆಯ ಕೊಂಡಿ ತಾನಾಗಿಯೇ ಟಿಕೆಟ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ.

ಹುಡುಕಿದಾಗ ಗೋ ಭಾಷೆಯಲ್ಲಿ ಬರೆದ ಈ ಸಾಲು ಸಿಗುತ್ತದೆ:

```go
if len(name) > 50 {
```

ಗೋ ಭಾಷೆಯಲ್ಲಿ `len` ಎಣಿಸುವುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು. ಯುಟಿಎಫ್-8 ವಿಧಾನದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. ಲಕ್ಷ್ಮೀನಾರಾಯಣಸ್ವಾಮಿಯ 19 ಚಿಹ್ನೆಗಳು 57 ಬೈಟ್ ಆಗಿ ಮಿತಿ ದಾಟಿಬಿಡುತ್ತವೆ. ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸಿದ್ದರಿಂದ ದೋಷ ಇಷ್ಟು ದಿನ ಮರೆಯಲ್ಲಿತ್ತು. ತಿದ್ದುಪಡಿ ಒಂದೇ ಸಾಲಿನದು:

```go
if utf8.RuneCountInString(name) > 50 {
```

ತಿದ್ದುವ ಮೊದಲೇ ಅವಳು 50 ಮತ್ತು 51 ಚಿಹ್ನೆಗಳ ಕನ್ನಡ ಹೆಸರುಗಳಿಗೆ ಟೆಸ್ಟ್ ಬರೆದು, 50ರದ್ದು ಸೋಲುವುದನ್ನು ನೋಡುತ್ತಾಳೆ. ತಿದ್ದಿದ ಮೇಲೆ ಎರಡೂ ಗೆಲ್ಲುತ್ತವೆ. ಆಮೇಲೆ ಬದಲಾವಣೆಯನ್ನು ಪುಲ್ ರಿಕ್ವೆಸ್ಟ್ ಆಗಿ ಕಳಿಸಿ, ಟಿಕೆಟ್ಟನ್ನು `In Review`ಗೆ ಸರಿಸುತ್ತಾಳೆ. ಏನು ಬದಲಾಯಿತು, ಹೇಗೆ ಪರೀಕ್ಷಿಸಿದೆ ಎಂಬ ನಾಲ್ಕು ಸಾಲು ಜೊತೆಗಿದ್ದರೆ ನೋಡುವವರ ಕೆಲಸ ಹಗುರ.

ಪರಿಶೀಲಿಸಿದ ಹಿರಿಯ ಸಹೋದ್ಯೋಗಿ ಎರಡು ವಿಷಯ ಎತ್ತುತ್ತಾರೆ. ‘ಡೇಟಾಬೇಸಿನ ಕಾಲಂನಲ್ಲಿ ಇಷ್ಟು ಜಾಗ ಇದೆಯಾ, ನೋಡಿದ್ರಾ?’ ಎಂಬುದು ಮೊದಲನೆಯದು. ಇಲ್ಲಿರುವುದು ಪೋಸ್ಟ್‌ಗ್ರೆಸ್. ಅದರ `varchar(50)` ಚಿಹ್ನೆಗಳನ್ನೇ ಎಣಿಸುವುದರಿಂದ ತೊಂದರೆಯಿಲ್ಲ. ಬೈಟ್ ಲೆಕ್ಕದಲ್ಲಿ ಹೊಂದಿಸಿದ ಡೇಟಾಬೇಸ್ ಆಗಿದ್ದರೆ ದೋಷ ಒಂದು ಹೆಜ್ಜೆ ಮುಂದೆ ಹೋಗಿ ಕೂರುತ್ತಿತ್ತು. ಎರಡನೆಯದು, ವಿಳಾಸದ ಜಾಗದಲ್ಲೂ ಇದೇ `len` ಇದೆ.

ಎರಡನೆಯದನ್ನೂ ಇದೇ ಟಿಕೆಟ್ಟಿನಲ್ಲಿ ತಿದ್ದಿಬಿಡೋಣ ಎಂಬ ಆಸೆ ಸಹಜ. ಮಾಡಬಾರದು. ವಿಳಾಸದ ಮಿತಿ ಬೇರೆ, ಅದನ್ನು ಬಳಸುವ ಮುದ್ರಣದ ನಮೂನೆಗಳು ಬೇರೆ, ಪರೀಕ್ಷೆಯೂ ಬೇರೆ. ಅಲ್ಲೊಂದು ತೊಡಕು ಬಂದರೆ ಸಿದ್ಧವಾಗಿರುವ ಹೆಸರಿನ ತಿದ್ದುಪಡಿಯೂ ಅದರ ಜೊತೆ ಸಿಕ್ಕಿಬೀಳುತ್ತದೆ. ಅವಳು ವಿಳಾಸಕ್ಕೆ ಹೊಸ ಟಿಕೆಟ್ ಬರೆದು, `MEM-214`ಕ್ಕೆ ಜೋಡಿಸಿ, `To Do` ಕಾಲಂನಲ್ಲಿ ಇಡುತ್ತಾಳೆ. ಅದನ್ನು ಯಾವಾಗ ಯಾರು ಮಾಡಬೇಕೆಂದು ಲೀಡ್ ನಿರ್ಧರಿಸುತ್ತಾರೆ.

ಮುಗಿಯಿತು ಎಂದರೆ ಯಾವಾಗ?

ಹೊಸಬರು ಬಹುಬೇಗ ಎಡವುವ ಜಾಗ `Done`. ತನ್ನ ಯಂತ್ರದಲ್ಲಿ ಸರಿಹೋದ ಕೂಡಲೇ ಟಿಕೆಟ್ಟನ್ನು ಅಲ್ಲಿಗೆ ಸರಿಸುತ್ತಾರೆ. ಸಂಘಕ್ಕೆ ಉತ್ತರ ಕೊಡಬೇಕಾದ ಸಪೋರ್ಟ್ ವಿಭಾಗದವರು ಬೋರ್ಡ್ ನೋಡಿ, ‘ಸರಿಹೋಗಿದೆ, ಪ್ರಯತ್ನಿಸಿ’ ಎಂದು ಫೋನ್ ಮಾಡುತ್ತಾರೆ. ಕೌಂಟರಿನಲ್ಲಿ ಇನ್ನೂ ಹಳೆಯ ಪ್ರೋಗ್ರಾಮೇ ಇರುತ್ತದೆ, ಅರ್ಜಿ ಮತ್ತೆ ತಿರಸ್ಕೃತವಾಗುತ್ತದೆ. ಹಾಗಾಗಿ ಮೊದಲ ವಾರದಲ್ಲೇ ಕೇಳಿ ತಿಳಿಯಬೇಕು: ಈ ತಂಡದಲ್ಲಿ `Done` ಎಂದರೆ ಕೋಡ್ ಮುಖ್ಯ ಕವಲಿಗೆ ಸೇರಿತು ಎಂದೋ, ಪರೀಕ್ಷಾ ಸರ್ವರಿನಲ್ಲಿ ಇನ್ನೊಬ್ಬರು ನೋಡಿ ಒಪ್ಪಿದರು ಎಂದೋ, ಗ್ರಾಹಕರಿಗೆ ತಲುಪಿತು ಎಂದೋ? ತಂಡದಿಂದ ತಂಡಕ್ಕೆ ಇದು ಬೇರೆಯಾಗುತ್ತದೆ.

ಈ ತಂಡದ ಕ್ರಮದಂತೆ ಶುಕ್ರವಾರ ಮಧ್ಯಾಹ್ನ ಪರೀಕ್ಷಾ ಸರ್ವರಿನಲ್ಲಿ ಮೂರು ಷರತ್ತನ್ನೂ ಇನ್ನೊಬ್ಬರು ನೋಡಿದ ಮೇಲಷ್ಟೇ ಟಿಕೆಟ್ ಮುಚ್ಚುತ್ತದೆ. ಸೋಮವಾರದ ಬಿಡುಗಡೆಯಲ್ಲಿ ಗ್ರಾಹಕರಿಗೆ ಹೋಗುತ್ತದೆ ಎಂಬ ಟಿಪ್ಪಣಿಯನ್ನು ಅವಳು ಸೇರಿಸುತ್ತಾಳೆ. ಈಗ ಸಪೋರ್ಟ್ ವಿಭಾಗದವರು ಯಾವ ದಿನ ಹೇಳಬೇಕೆಂದು ಸರಿಯಾಗಿ ತಿಳಿಯುತ್ತದೆ.

ವಾರ ಸರಿಯಾಗಿ ಸಾಗಿತೇ ಎಂದು ಅಳೆಯಲು ಎಷ್ಟು ಟಿಕೆಟ್ ಮುಚ್ಚಿದೆ ಎಂದು ಎಣಿಸಬೇಕಿಲ್ಲ. ಶನಿವಾರ ಅವಳಿಗೆ ಜ್ವರ ಬಂದು ಮುಂದಿನ ವಾರ ಬಾರದಿದ್ದರೆ, ಅವಳಿಗೆ ಒಂದೇ ಒಂದು ಫೋನ್ ಮಾಡದೆ ಇನ್ನೊಬ್ಬರು ಅವಳ ಕೆಲಸವನ್ನು ನಿಂತಲ್ಲಿಂದ ಮುಂದುವರಿಸಬಹುದೇ ಎಂದು ಕೇಳಿಕೊಂಡರೆ ಸಾಕು. ಹೆಸರಿನ ಮಿತಿಯನ್ನು ಹೇಗೆ ಎಣಿಸಬೇಕೆಂಬ ತೀರ್ಮಾನ, ಮೂರು ಷರತ್ತು, ಕೋಡಿನ ಕೊಂಡಿ, ಬಿಡುಗಡೆಯ ದಿನ, ವಿಳಾಸದ ಬಾಕಿ ಕೆಲಸ ಎಲ್ಲವೂ ಟ್ರ್ಯಾಕರಿನಲ್ಲಿದ್ದರೆ ಉತ್ತರ ಹೌದು. ಎರಡನೇ ವಾರ ಅವಳಿಗೆ ಇದಕ್ಕಿಂತ ದೊಡ್ಡ ಟಿಕೆಟ್ ಕೊಡಬಹುದು.