ಸಿಲಿಕಾನ್ ಬಿಸಿಯಾದರೆ ಎಲೆಕ್ಟ್ರಾನ್‌ಗಳ ಓಟ ಚುರುಕಾಗುತ್ತದೆಯೇ?

ಬಿಸಿಯಾದರೆ ಲೋಹದ ರೋಧ ಏರುತ್ತದೆ, ಅರೆವಾಹಕದ ರೋಧ ಇಳಿಯುತ್ತದೆ. ದ್ವಿತೀಯ ಪಿಯುಸಿ ಭೌತಶಾಸ್ತ್ರ ಓದಿದ ಯಾರನ್ನು ಕೇಳಿದರೂ ಈ ಮಾತು ತಡವರಿಸದೆ ಬರುತ್ತದೆ. ಆದರೆ ಕೆಟಿವೈ81 ಎಂಬ ಪುಟ್ಟ ತಾಪಸಂವೇದಕದ ದತ್ತಾಂಶ ಪತ್ರಿಕೆ ಬೇರೆಯೇ ಕತೆ ಹೇಳುತ್ತದೆ. ಅದರೊಳಗೆ ಇರುವುದು ಎನ್-ಮಾದರಿಯ ಸಿಲಿಕಾನ್ ಚೂರು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ರೋಧ 1000 ಓಂ. 100 ಡಿಗ್ರಿಗೆ ಕಾಯಿಸಿದರೆ 1696 ಓಂ. ಬಿಸಿಯಾದಷ್ಟೂ ರೋಧ ಏರುತ್ತಲೇ ಹೋಗುತ್ತದೆ, ಥೇಟ್ ಲೋಹದ ಹಾಗೆ.

ಪಠ್ಯಪುಸ್ತಕ ಸುಳ್ಳು ಹೇಳುತ್ತಿಲ್ಲ. ಅದು ಹೇಳುತ್ತಿರುವುದು ಶುದ್ಧ ಸಿಲಿಕಾನ್‌ನ ವಿಷಯ. ಬೆರಕೆ ಹಾಕಿದ ಸಿಲಿಕಾನ್‌ಗೂ ಅದೇ ನಿಯಮವನ್ನು ಅನ್ವಯಿಸಿದಾಗ ತಪ್ಪು ಕಲ್ಪನೆಗಳ ಸರಣಿ ಶುರುವಾಗುತ್ತದೆ.

ನಂಬಿಕೆ: ಬಿಸಿಯಾದಾಗ ಎಲೆಕ್ಟ್ರಾನ್‌ಗಳು ಸಲೀಸಾಗಿ ಹರಿಯುತ್ತವೆ, ಅದಕ್ಕೇ ರೋಧ ಇಳಿಯುತ್ತದೆ

ವಾಹಕತೆ ಎಂಬುದು ಒಂದು ಗುಣಲಬ್ಧ: σ = q n μ. ಇಲ್ಲಿ n ಎಂದರೆ ಓಡಾಡಬಲ್ಲ ಎಲೆಕ್ಟ್ರಾನ್‌ಗಳ ಸಂಖ್ಯೆ, μ ಎಂದರೆ ಅವುಗಳ ಚಲನಶೀಲತೆ, ಅಂದರೆ ಒಂದಿಷ್ಟು ವಿದ್ಯುತ್ ಕ್ಷೇತ್ರ ಕೊಟ್ಟಾಗ ಅವು ಗಳಿಸುವ ಸರಾಸರಿ ಮುನ್ನಡೆಯ ವೇಗ. ಶುದ್ಧ ಸಿಲಿಕಾನ್ ಬಿಸಿಯಾದಾಗ n ಬೆಂಕಿ ಹೊತ್ತಿದಂತೆ ಏರುತ್ತದೆ. ಆ ಏರಿಕೆಯ ಮುಂದೆ μ ಇಳಿಯುತ್ತಿರುವುದು ಕಣ್ಣಿಗೇ ಬೀಳುವುದಿಲ್ಲ. ರೋಧ ಇಳಿಯುವುದು ಎಲೆಕ್ಟ್ರಾನ್‌ಗಳ ಓಟ ಸಲೀಸಾದ್ದರಿಂದ ಅಲ್ಲ. ಓಟ ಕಷ್ಟವಾಗಿದ್ದರೂ ಓಡುವವರ ಸಂಖ್ಯೆ ವಿಪರೀತ ಹೆಚ್ಚಿದ್ದರಿಂದ.

ಈಗ ಒಂದು ಘನ ಸೆಂಟಿಮೀಟರ್ ಸಿಲಿಕಾನ್‌ಗೆ 10¹⁵ ರಂಜಕದ ಪರಮಾಣುಗಳನ್ನು ಬೆರೆಸಿದೆವು ಎನ್ನಿ. ಕೋಣೆಯ ತಾಪದಲ್ಲಿ ಇವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ತಲಾ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟಿರುತ್ತವೆ. ಶಾಖದಿಂದ ತಾನಾಗಿ ಹುಟ್ಟುವ ಎಲೆಕ್ಟ್ರಾನ್‌ಗಳು ಸುಮಾರು 10¹⁰, ಅಂದರೆ ಲಕ್ಷಕ್ಕೆ ಒಂದು. ಇನ್ನೂ ನೂರು ಡಿಗ್ರಿ ಕಾಯಿಸಿದರೂ ಒಟ್ಟು ಸಂಖ್ಯೆ ಕದಲುವುದಿಲ್ಲ. n ಸ್ಥಿರವಾಗಿ ನಿಂತಾಗ ರೋಧದ ಏರಿಳಿತವೆಲ್ಲ μ ಒಂದರದೇ ಕೈವಾಡ. ಕೆಟಿವೈ81 ಮಾಡುವ ಕೆಲಸ ಇಷ್ಟೇ: ಚಲನಶೀಲತೆಯ ಕುಸಿತವನ್ನು ಓಂಗಳಲ್ಲಿ ತೋರಿಸುವುದು.

ಯಾವುದು n ನ ಪ್ರಭಾವ, ಯಾವುದು μ ನ ಪ್ರಭಾವ ಎಂದು ಬಿಡಿಸಿ ನೋಡಲು ಪ್ರಯೋಗಾಲಯದಲ್ಲಿ ಹಾಲ್ ಪರಿಣಾಮವನ್ನು ಬಳಸುತ್ತಾರೆ. ಕಾಂತಕ್ಷೇತ್ರದಲ್ಲಿ ಇಟ್ಟ ಮಾದರಿಯ ಅಡ್ಡಕ್ಕೆ ಹುಟ್ಟುವ ವೋಲ್ಟೇಜು n ಅನ್ನು ತಿಳಿಸುತ್ತದೆ. ರೋಧವನ್ನು ಬೇರೆಯಾಗಿ ಅಳೆದರೆ ಉಳಿಯುವುದು μ. 1954ರಲ್ಲಿ ಬೆಲ್ ಪ್ರಯೋಗಾಲಯದ ಮೊರಿನ್ ಮತ್ತು ಮೈಟಾ, ಆರ್ಸೆನಿಕ್ ಹಾಗೂ ಬೋರಾನ್ ಬೆರೆತ ಸಿಲಿಕಾನ್ ಮಾದರಿಗಳನ್ನು ಹೀಗೇ ವಿಶಾಲ ತಾಪವ್ಯಾಪ್ತಿಯಲ್ಲಿ ಅಳೆದರು. ಬರೀ ರೋಧವನ್ನು ಅಳೆದು ಚಲನಶೀಲತೆಯ ಬಗ್ಗೆ ಮಾತಾಡುವವರು ಎಡವುವುದು ಇಲ್ಲಿಯೇ.

ನಂಬಿಕೆ: ಎಲೆಕ್ಟ್ರಾನ್‌ಗಳು ಸಿಲಿಕಾನ್ ಪರಮಾಣುಗಳಿಗೆ ಢಿಕ್ಕಿ ಹೊಡೆಯುತ್ತ ಸಾಗುತ್ತವೆ

ಚಿತ್ರಗಳಲ್ಲಿ ಹೀಗೇ ಬಿಡಿಸಿರುತ್ತಾರೆ: ಸಾಲಾಗಿ ಗುಂಡುಗಳು, ಅವುಗಳ ನಡುವೆ ಪುಟಿಯುವ ಒಂದು ಚುಕ್ಕಿ. ಲೆಕ್ಕ ಹಾಕಿದರೆ ಚಿತ್ರ ನಿಲ್ಲುವುದಿಲ್ಲ. ಕೋಣೆಯ ತಾಪದಲ್ಲಿ ಹಗುರ ಬೆರಕೆಯ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್‌ನ ಚಲನಶೀಲತೆ ಸುಮಾರು 1400 (ಏಕಮಾನ: ವೋಲ್ಟ್-ಸೆಕೆಂಡಿಗೆ ಚದರ ಸೆಂಟಿಮೀಟರ್). ಇದರಿಂದ ಎರಡು ಘರ್ಷಣೆಗಳ ನಡುವಿನ ಸಮಯ ಒಂದು ಸೆಕೆಂಡಿನ ಲಕ್ಷಕೋಟಿಯಲ್ಲೊಂದು ಭಾಗದ ಐದನೇ ಒಂದರಷ್ಟು ಎಂದು ಸಿಗುತ್ತದೆ. ಶಾಖದಿಂದಲೇ ಎಲೆಕ್ಟ್ರಾನ್ ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ಓಡಾಡುತ್ತಿರುತ್ತದೆ. ಅಂದರೆ ಒಂದು ಘರ್ಷಣೆಯಿಂದ ಇನ್ನೊಂದಕ್ಕೆ ಅದು ಸಾಗುವ ದೂರ ಸುಮಾರು 45 ನ್ಯಾನೋಮೀಟರ್. ಅಕ್ಕಪಕ್ಕದ ಸಿಲಿಕಾನ್ ಪರಮಾಣುಗಳ ಅಂತರವಾದರೋ 0.235 ನ್ಯಾನೋಮೀಟರ್. ಸುಮಾರು ಇನ್ನೂರು ಪರಮಾಣುಗಳಷ್ಟು ದೂರವನ್ನು ಎಲೆಕ್ಟ್ರಾನ್ ಏನೂ ಆಗದಂತೆ ದಾಟಿರುತ್ತದೆ!

ಕಾರಣವನ್ನು 1928ರಲ್ಲೇ ಫೆಲಿಕ್ಸ್ ಬ್ಲಾಖ್ ತೋರಿಸಿದ್ದರು. ಎಲೆಕ್ಟ್ರಾನ್ ಒಂದು ತರಂಗ. ಪರಮಾಣುಗಳು ಕರಾರುವಾಕ್ಕಾಗಿ ಸಮ ಅಂತರದಲ್ಲಿ ನಿಂತಿದ್ದರೆ ಆ ತರಂಗ ಚದುರುವುದೇ ಇಲ್ಲ. ಅಡ್ಡಿಯಾಗುವುದು ಪರಮಾಣುಗಳಲ್ಲ, ಅವುಗಳ ಸಾಲು ಕೆಡುವುದು. ಶಾಖದಿಂದ ಪರಮಾಣುಗಳು ಅಲುಗಾಡುತ್ತವೆ, ಆ ಅಲುಗಾಟ ಜಾಲಕದ ತುಂಬ ಅಲೆಗಳಾಗಿ ಹರಡುತ್ತದೆ. ಈ ಅಲೆಗಳ ಕಂತೆಗಳೇ ಫೋನಾನ್‌ಗಳು. ಜಾಲಕ ಚದುರಿಕೆ ಎನ್ನುವುದು ಇವುಗಳಿಂದಾಗುವ ಚದುರಿಕೆಗೆ. ತಾಪ ಏರಿದಂತೆ ಅಲುಗಾಟವೂ ಏರುತ್ತದೆ, ಚಲನಶೀಲತೆ ಇಳಿಯುತ್ತದೆ.

ಎಷ್ಟು ಇಳಿಯುತ್ತದೆ? ಪಠ್ಯಗಳು ಕೊಡುವ ಉತ್ತರ T ಯ −3/2 ಘಾತ. ಅದರ ತರ್ಕ ಸೊಗಸಾಗಿದೆ. ಅಲುಗಾಟದ ತೀವ್ರತೆ ಕೆಲ್ವಿನ್ ತಾಪಕ್ಕೆ ಅನುಗುಣವಾಗಿ ಏರುತ್ತದೆ, ಎಲೆಕ್ಟ್ರಾನ್‌ನ ವೇಗ ತಾಪದ ವರ್ಗಮೂಲಕ್ಕೆ ಅನುಗುಣವಾಗಿ. ಎರಡನ್ನೂ ಗುಣಿಸಿದರೆ ಘರ್ಷಣೆಗಳ ದರ T ಯ ಒಂದೂವರೆ ಘಾತದಂತೆ ಬೆಳೆಯುತ್ತದೆ. 1950ರಲ್ಲಿ ಬಾರ್ಡೀನ್ ಮತ್ತು ಶಾಕ್ಲಿ ಇದಕ್ಕೆ ಗಟ್ಟಿಯಾದ ಸಿದ್ಧಾಂತ ಕೊಟ್ಟರು. ಆದರೆ ಸಿಲಿಕಾನ್‌ನ ಎಲೆಕ್ಟ್ರಾನ್‌ಗಳಲ್ಲಿ ಅಳತೆ ತೋರಿಸುವ ಘಾತ ಸುಮಾರು −2.4.

ಇದನ್ನು ಕೆಟಿವೈ81 ಮೇಲೆಯೇ ಪರೀಕ್ಷಿಸಬಹುದು. 25 ಡಿಗ್ರಿ ಎಂದರೆ 298 ಕೆಲ್ವಿನ್, 100 ಡಿಗ್ರಿ ಎಂದರೆ 373. ಅನುಪಾತ 1.25. ಅದರ 1.5ನೇ ಘಾತ 1.40, ಅಂದರೆ 1000 ಓಂ 1400 ಆಗಬೇಕಿತ್ತು. 2.4ನೇ ಘಾತ ಹಿಡಿದರೆ 1714 ಬರುತ್ತದೆ, ಪತ್ರಿಕೆಯಲ್ಲಿರುವುದು 1696. ಸೊನ್ನೆ ಡಿಗ್ರಿಗೆ ಇದೇ ಲೆಕ್ಕ 810 ಓಂ ಕೊಡುತ್ತದೆ, ಪತ್ರಿಕೆ 815 ಎನ್ನುತ್ತದೆ. ಅಂಗಡಿಯಲ್ಲಿ ಸಿಗುವ ಬಿಡಿಭಾಗವೊಂದು ಘನಸ್ಥಿತಿ ಭೌತಶಾಸ್ತ್ರದ ನಿಯಮವನ್ನು ಇಷ್ಟು ನಿಖರವಾಗಿ ಪಾಲಿಸುವುದು ನಿಜಕ್ಕೂ ಬೆರಗಿನ ಸಂಗತಿ.

ಒಂದೂವರೆ ಸಾಲದೆ ಹೋದದ್ದು ಏಕೆ? ಆ ಲೆಕ್ಕ ಉದ್ದುದ್ದ ಶಬ್ದತರಂಗಗಳಂಥ ಫೋನಾನ್‌ಗಳನ್ನು ಮಾತ್ರ ಪರಿಗಣಿಸುತ್ತದೆ. ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್‌ಗಳು ಆರು ಸಮಾನ ಶಕ್ತಿಕಣಿವೆಗಳಲ್ಲಿ ಹಂಚಿಕೊಂಡಿರುತ್ತವೆ. ಹೆಚ್ಚು ಶಕ್ತಿಯ ಫೋನಾನ್ ಸಿಕ್ಕರೆ ಎಲೆಕ್ಟ್ರಾನ್ ಒಂದು ಕಣಿವೆಯಿಂದ ಇನ್ನೊಂದಕ್ಕೆ ಜಿಗಿದು ತನ್ನ ದಿಕ್ಕನ್ನೇ ಮರೆಯುತ್ತದೆ. ಅಂಥ ಫೋನಾನ್‌ಗಳು ಚಳಿಯಲ್ಲಿ ಅಪರೂಪ; ಕೋಣೆಯ ತಾಪದ ಆಸುಪಾಸಿನಲ್ಲಿ ಅವುಗಳ ಸಂಖ್ಯೆ ಭರದಿಂದ ಏರುತ್ತದೆ. ಇಳಿಜಾರು ಕಡಿದಾಗುವುದು ಅದರಿಂದ.

ನಂಬಿಕೆ: ತಣ್ಣಗೆ ಮಾಡಿದಷ್ಟೂ ಚಲನಶೀಲತೆ ಏರುತ್ತದೆ

ಹಗುರ ಬೆರಕೆಯ ಸಿಲಿಕಾನ್ ಮಟ್ಟಿಗೆ ಇದು ಬಹುದೂರ ನಿಜ. ದ್ರವ ಸಾರಜನಕದ 77 ಕೆಲ್ವಿನ್‌ನಲ್ಲಿ ಅದರ ಚಲನಶೀಲತೆ ಹತ್ತು ಪಟ್ಟಿಗೂ ಮೀರಿ ಏರುತ್ತದೆ. ಆದರೆ ಬೆರಕೆ ಹೆಚ್ಚಿದಂತೆ ಇನ್ನೊಂದು ಅಡ್ಡಿ ಎದುರಾಗುತ್ತದೆ, ಅದರ ನಡವಳಿಕೆ ಪೂರ್ತಿ ತಿರುಗುಮುರುಗು.

ಎಲೆಕ್ಟ್ರಾನ್ ಕೊಟ್ಟ ರಂಜಕದ ಪರಮಾಣು ಧನ ಆವೇಶದ ಅಯಾನಾಗಿ ಜಾಲಕದಲ್ಲೇ ಉಳಿಯುತ್ತದೆ. ಹಾದುಹೋಗುವ ಎಲೆಕ್ಟ್ರಾನನ್ನು ಅದು ತನ್ನತ್ತ ಸೆಳೆದು ದಾರಿ ಬಾಗಿಸುತ್ತದೆ. ಇಲ್ಲಿ ಢಿಕ್ಕಿಯ ಮಾತೇ ಇಲ್ಲ, ಸೂರ್ಯನ ಪಕ್ಕದಲ್ಲಿ ಹಾಯುವ ಧೂಮಕೇತುವಿನ ದಾರಿ ಬಾಗುವಂಥದೇ ವಿಲೋಮ ವರ್ಗ ನಿಯಮದ ಸೆಳೆತ. ವೇಗವಾಗಿ ಹಾಯುವ ಎಲೆಕ್ಟ್ರಾನ್ ಅಯಾನಿನ ಬಳಿ ಇರುವ ಹೊತ್ತು ಕಡಿಮೆ, ಬಾಗುವುದೂ ಕಡಿಮೆ. ರುದರ್‌ಫೋರ್ಡ್ 1911ರಲ್ಲಿ ಆಲ್ಫಾ ಕಣಗಳಿಗೆ ಕಂಡುಕೊಂಡ ಸೂತ್ರದ ಪ್ರಕಾರ, ಅಯಾನು ಅಡ್ಡಿಯಾಗಿ ತೋರುವ ವಿಸ್ತೀರ್ಣ ವೇಗದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಕುಗ್ಗುತ್ತದೆ. ವೇಗ ಹೆಚ್ಚಿದಾಗ ಹೆಚ್ಚು ಅಯಾನುಗಳು ಎದುರಾಗುವುದು ನಿಜ. ಅದನ್ನು ಸೇರಿಸಿಕೊಂಡರೂ ಘರ್ಷಣೆಯ ದರ ವೇಗದ ಮೂರನೇ ಘಾತದಂತೆ ಇಳಿಯುತ್ತದೆ. ಆದ್ದರಿಂದ ಬೆರಕೆಯೊಂದೇ ಅಡ್ಡಿಯಾಗಿದ್ದರೆ ಚಲನಶೀಲತೆ T ಯ +3/2 ಘಾತದಂತೆ ಏರಬೇಕು. 1950ರಲ್ಲಿ ಎಸ್ತರ್ ಕಾನ್ವೆಲ್ ಮತ್ತು ವಿಕ್ಟರ್ ವೈಸ್ಕಾಫ್ ಅರೆವಾಹಕಗಳಿಗೆ ಪ್ರಕಟಿಸಿದ ಫಲಿತಾಂಶ ಇದೇ. ಬೆರಕೆಯ ಪರಮಾಣುಗಳು ಬಿಸಿಯಲ್ಲಿ ಹೆಚ್ಚು ಕಾಡುತ್ತವೆ ಎಂಬ ಊಹೆ ಸಹಜವೆನಿಸಿದರೂ ವಾಸ್ತವ ಅದರ ಉಲ್ಟಾ.

ಎರಡೂ ಅಡ್ಡಿಗಳು ಒಟ್ಟಿಗಿದ್ದಾಗ ಕೂಡುವುದು ಚಲನಶೀಲತೆಗಳನ್ನಲ್ಲ, ಘರ್ಷಣೆಯ ದರಗಳನ್ನು:

1/μ = 1/μ_L + 1/μ_I

ಘನ ಸೆಂಟಿಮೀಟರಿಗೆ 10¹⁷ ರಂಜಕ ಇರುವ ಸಿಲಿಕಾನ್ ತೆಗೆದುಕೊಳ್ಳೋಣ. 300 ಕೆಲ್ವಿನ್‌ನಲ್ಲಿ ಇದರ ಚಲನಶೀಲತೆ 700ರಿಂದ 800ರ ನಡುವೆ, 750 ಎಂದಿಟ್ಟುಕೊಳ್ಳೋಣ. ಜಾಲಕದ ಪಾಲು 1400 ಎಂದು ಗೊತ್ತಿದೆ. ಹಾಗಾದರೆ ಬೆರಕೆಯೊಂದರ ಪಾಲು ಸುಮಾರು 1600. ಘರ್ಷಣೆಗಳಲ್ಲಿ ನೂರಕ್ಕೆ 54 ಜಾಲಕದವು, 46 ಬೆರಕೆಯವು. ಈ ಮಾದರಿಯನ್ನು 270 ಕೆಲ್ವಿನ್‌ಗೆ ತಣಿಸಿದರೆ, ಜಾಲಕವೊಂದೇ ಇದ್ದಲ್ಲಿ ಚಲನಶೀಲತೆ ಶೇ. 29ರಷ್ಟು ಏರಬೇಕಿತ್ತು. ಬೆರಕೆ ಎದುರು ದಿಕ್ಕಿಗೆ ಎಳೆಯುವುದರಿಂದ ಮೇಲಿನ ಸೂತ್ರದಂತೆ ಸಿಗುವುದು ಬರೀ ಶೇ. 4ರ ಆಸುಪಾಸು.

ಈ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಳತೆಗಳಿಗೆ ಹೊಂದಿಸಿ ಕಟ್ಟಿದ ಸೂತ್ರಗಳು ಸುಮಾರು ಶೇ. 12ರ ಏರಿಕೆ ತೋರಿಸುತ್ತವೆ. ನಿಧಾನದ ಎಲೆಕ್ಟ್ರಾನ್‌ಗಳನ್ನು ಅಯಾನುಗಳು ಹೆಚ್ಚು ಕಾಡುತ್ತವೆ, ವೇಗದವನ್ನು ಫೋನಾನ್‌ಗಳು. ಸರಾಸರಿಗಳನ್ನು ಕೂಡುವ ಸರಳ ನಿಯಮಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ. ಜೊತೆಗೆ, ಓಡಾಡುವ ಎಲೆಕ್ಟ್ರಾನ್‌ಗಳೇ ಅಯಾನುಗಳ ಆವೇಶವನ್ನು ಒಂದಿಷ್ಟು ಮರೆಮಾಡುತ್ತವೆ. ಇನ್ನೂ ತಣಿಸಿದರೆ ಕೆಲವು ಎಲೆಕ್ಟ್ರಾನ್‌ಗಳು ರಂಜಕಕ್ಕೇ ಮರಳಿ ಅಂಟಿಕೊಂಡು ಅಯಾನುಗಳ ಸಂಖ್ಯೆಯೂ ಬದಲಾಗುತ್ತದೆ. ಹೀಗಾಗಿ ಪಠ್ಯದ +3/2 ಘಾತ ಶುದ್ಧರೂಪದಲ್ಲಿ ಸಿಗುವುದು ವಿರಳ. ಆದರೆ ನಕ್ಷೆಯ ಆಕಾರ ಖಚಿತ: ತಾಪ ಇಳಿದಂತೆ ಚಲನಶೀಲತೆ ಏರಿ, ಶಿಖರ ಮುಟ್ಟಿ, ಮತ್ತೆ ಇಳಿಯುತ್ತದೆ, ಬೆರಕೆ ಹೆಚ್ಚಿದಷ್ಟೂ ಶಿಖರ ತಗ್ಗುತ್ತದೆ, ಬೆಚ್ಚನೆಯ ಕಡೆಗೆ ಸರಿಯುತ್ತದೆ. ಬೆರಕೆ 10¹⁹ ಮುಟ್ಟಿದಾಗ ಚಲನಶೀಲತೆ ನೂರರ ಆಸುಪಾಸಿಗೆ ಕುಸಿದಿರುತ್ತದೆ, ತಾಪ ಬದಲಾದರೂ ಹೆಚ್ಚು ಕದಲುವುದಿಲ್ಲ.

ನಂಬಿಕೆ: ಇದೆಲ್ಲ ಪ್ರಯೋಗಾಲಯದ ವಿಷಯ

ಮೊಬೈಲ್ ಚಾರ್ಜರ್‌ನೊಳಗಿನ 600 ವೋಲ್ಟಿನ ಮಾಸ್ಫೆಟ್ ಸ್ವಿಚ್ಚನ್ನು ನೋಡಬಹುದು. ಅಷ್ಟು ವೋಲ್ಟೇಜು ತಡೆಯಲು ಅದರೊಳಗೆ ಹಗುರ ಬೆರಕೆಯ ದಪ್ಪ ಪದರ ಬೇಕು, ರೋಧದ ಬಹುಪಾಲು ಅಲ್ಲಿಯೇ ಇರುತ್ತದೆ. ಹಗುರ ಬೆರಕೆ ಎಂದರೆ ಜಾಲಕ ಚದುರಿಕೆಯ ರಾಜ್ಯ. ಹಾಗಾಗಿ 25ರಿಂದ 150 ಡಿಗ್ರಿಗೆ ಬಿಸಿಯಾದಾಗ ಅದರ ರೋಧ ಎರಡು ಪಟ್ಟನ್ನೂ ಮೀರುತ್ತದೆ. ಕಡಿಮೆ ವೋಲ್ಟೇಜಿನ ಮಾಸ್ಫೆಟ್‌ಗಳಲ್ಲಿ ಬೆರಕೆ ಹೆಚ್ಚು, ಏರಿಕೆ ಸೌಮ್ಯ. 25 ಡಿಗ್ರಿಯ ಅಂಕಿಯನ್ನೇ ನಂಬಿ ಹೀಟ್‌ಸಿಂಕ್ ಆರಿಸಿದರೆ ಲೆಕ್ಕ ತಪ್ಪುತ್ತದೆ: ಬಿಸಿ ರೋಧವನ್ನು ಏರಿಸುತ್ತದೆ, ಏರಿದ ರೋಧ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ.

ಇದೇ ಗುಣ ಇನ್ನೊಂದೆಡೆ ಉಪಕಾರಿ. ಹಲವು ಮಾಸ್ಫೆಟ್‌ಗಳನ್ನು ಸಮಾಂತರವಾಗಿ ಜೋಡಿಸಿದಾಗ ಹೆಚ್ಚು ಬಿಸಿಯಾದದ್ದು ತಾನಾಗಿ ಹೆಚ್ಚು ರೋಧ ತೋರಿಸಿ ಪ್ರವಾಹವನ್ನು ಉಳಿದವುಗಳಿಗೆ ಬಿಟ್ಟುಕೊಡುತ್ತದೆ. ಆದರೆ ಸ್ವಿಚ್ ಪೂರ್ತಿ ತೆರೆದಿದ್ದಾಗ ಮಾತ್ರ ಈ ಭರವಸೆ ಸಲ್ಲುತ್ತದೆ. ಅರೆತೆರೆದ ಸ್ಥಿತಿಯಲ್ಲಿ ಬಳಸಿದರೆ, ಬಿಸಿಯಾದಂತೆ ಮಾಸ್ಫೆಟ್ ತೆರೆದುಕೊಳ್ಳಲು ಬೇಕಾದ ಗೇಟ್ ವೋಲ್ಟೇಜು ಇಳಿಯುವುದೇ ಮೇಲುಗೈಯಾಗುತ್ತದೆ. ಬಿಸಿಯಾದ ಜಾಗದಲ್ಲೇ ಮತ್ತಷ್ಟು ಪ್ರವಾಹ ನುಗ್ಗಿ ಚಿಪ್ ಸುಡಬಹುದು.